ದೃಢೀಕರಣಕ್ಕೆ ಮಗನ ಹಿಂದೆ ಯಾರು ನಿಲ್ಲಬೇಕು?

ಪ್ರಶ್ನೆ: ನಮ್ಮದು ಅಂಕೋಲಾ ಕಡೆಯ ಕಥೋಲಿಕ ಕುಟುಂಬ. ಮಗ ಒಂಬತ್ತನೇ ಕ್ಲಾಸು. ಈ ಸಲ ಬಿಷಪ್ ಬಂದು ದೃಢೀಕರಣ ಕೊಡುತ್ತಾರೆ, ಗಾಡ್‌ಫಾದರ್ ಹೆಸರು ಬರೆಸಿ ಎಂದು ಫಾದರ್ ಹೇಳಿದ್ದಾರೆ. ಜ್ಞಾನಸ್ನಾನಕ್ಕೆ ನಿಂತಿದ್ದ ನನ್ನ ಮೈದುನ ಕುವೈತಿನಲ್ಲಿದ್ದಾನೆ. ಅತ್ತೆ ಹೇಳುವುದು, "ಜ್ಞಾನಸ್ನಾನಕ್ಕೆ ನಿಂತವರು ಇದಕ್ಕೆ ನಿಲ್ಲುವ ಹಾಗಿಲ್ಲ, ಹುಡುಗನಿಗೆ ಗಂಡಸೇ ಬೇಕು" ಅಂತ. ಧರ್ಮೋಪದೇಶದ ಟೀಚರ್ ಹೇಳುವುದು, "ಅವರೇ ಆದರೆ ಇನ್ನೂ ಒಳ್ಳೆಯದು" ಅಂತ. ಯಾರದು ಸರಿ? ನಾನೇ ನಿಂತರೆ ಆಗುವುದಿಲ್ಲವೇ? ಇನ್ನೊಂದು, ಆ ಎಣ್ಣೆ ಯಾಕೆ ಹಚ್ಚುತ್ತಾರೆ ಎಂದು ಮಗ ಕೇಳಿದ, ನನಗೆ ಸರಿಯಾಗಿ ಹೇಳಲಿಕ್ಕೆ ಬರಲಿಲ್ಲ.

ಉತ್ತರ: ಈಗಿನ ನಿಯಮದ ಪ್ರಕಾರ ಟೀಚರ್ ಹೇಳಿದ್ದು ಸರಿ. ಹಾಗೆಂದು ನಿಮ್ಮ ಅತ್ತೆ ಇಲ್ಲದ್ದನ್ನು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಅವರ ಕಾಲದಲ್ಲಿ ಇದ್ದದ್ದು 1917ರ ಧರ್ಮಸಭಾ ಕಾನೂನು. ಅದರಲ್ಲಿ ದೃಢೀಕರಣಕ್ಕೆ ನಿಲ್ಲುವವರು ಜ್ಞಾನಸ್ನಾನಕ್ಕೆ ನಿಂತವರಿಗಿಂತ ಬೇರೆಯವರಿರಬೇಕು, ಹುಡುಗನಿಗೆ ಗಂಡಸು, ಹುಡುಗಿಗೆ ಹೆಂಗಸು ಇರಬೇಕು ಎಂದೇ ಇತ್ತು. 1983ರಲ್ಲಿ ಹೊಸ ಕಾನೂನು ಬಂದಾಗ ಇದು ತಿರುವುಮುರುವಾಯಿತು. ಗಂಡಸು ಹೆಂಗಸು ಎಂಬ ಕಟ್ಟು ಬಿಟ್ಟುಹೋಯಿತು. ಜ್ಞಾನಸ್ನಾನಕ್ಕೆ ನಿಂತವರೇ ದೃಢೀಕರಣಕ್ಕೂ ನಿಂತರೆ ಉತ್ತಮ ಎಂಬ ಮಾತು ಸೇರಿತು. ಎರಡು ಸಂಸ್ಕಾರಗಳು ಒಂದೇ ಸಾಲಿನವು ಎಂದು ತೋರಿಸುವುದಕ್ಕೆ ಈ ಬದಲಾವಣೆ. ಹದಿನಾಲ್ಕು ವರ್ಷದ ಹಿಂದೆ ಮಗುವಿನ ಪರವಾಗಿ ಮಾತು ಕೊಟ್ಟವರು, ಅದೇ ಮಗು ತನ್ನ ಬಾಯಿಂದ ಆ ಮಾತು ಹೇಳುವಾಗ ಪಕ್ಕದಲ್ಲಿರಲಿ ಎಂಬುದು ಅದರ ಆಶಯ.

ಆದರೆ "ಉತ್ತಮ" ಎಂದಷ್ಟೇ ಇದೆ, ಕಡ್ಡಾಯ ಎಂದಿಲ್ಲ. ಬೇರೆಯವರನ್ನು ಆರಿಸಿಕೊಳ್ಳಬಹುದು. ಯಾರೇ ಆದರೂ ಅವರಿಗೆ 16 ವರ್ಷ ತುಂಬಿರಬೇಕು, ಕಥೋಲಿಕರಾಗಿದ್ದು ತಾವೂ ದೃಢೀಕರಣ ಮತ್ತು ಪರಮಪ್ರಸಾದ ಪಡೆದಿರಬೇಕು, ನಂಬಿಕೆಗೆ ತಕ್ಕ ಬಾಳು ಅವರದಾಗಿರಬೇಕು. ಧರ್ಮಸಭೆಯ ಶಿಕ್ಷೆಗೆ ಒಳಗಾಗಿರಬಾರದು. ಮಗುವಿನ ಅಪ್ಪ ಅಥವಾ ಅಮ್ಮ ಆಗಿರಬಾರದು. 16ರ ಲೆಕ್ಕವನ್ನು ಬಿಷಪ್ ತಮ್ಮ ಧರ್ಮಪ್ರಾಂತ್ಯಕ್ಕೆ ಬೇರೆಯಾಗಿ ಇಡಬಹುದು. ಕಾರವಾರ ಧರ್ಮಪ್ರಾಂತ್ಯದವರಾದ ನೀವು ವಿಗಾರರನ್ನೇ ಒಮ್ಮೆ ಕೇಳಿಬಿಡಿ.

ಹೀಗಾಗಿ ನೀವೇ ನಿಲ್ಲುವುದು ಆಗದು. ಇದನ್ನು ತಾಯಂದಿರು ಬೇಸರದಿಂದಲೇ ಕೇಳುತ್ತಾರೆ, "ನನಗಿಂತ ಹತ್ತಿರದವರು ಯಾರಿದ್ದಾರೆ?" ಎಂದು. ಹತ್ತಿರದವರು ಎಂಬ ಕಾರಣಕ್ಕೇ ನಿಮಗೆ ಈ ಸ್ಥಾನವಿಲ್ಲ. ಮಗನಿಗೆ ಅಪ್ಪ ಅಮ್ಮ ಹೇಗೂ ಇದ್ದೀರಿ. ಮನೆಯಲ್ಲಿ ಹೇಳಲಾಗದ್ದನ್ನು ಹೇಳಿಕೊಳ್ಳಲು ಹೊರಗೊಬ್ಬ ದೊಡ್ಡವರು ಅವನಿಗೆ ಸಿಗಬೇಕು ಎಂದು ಸಭೆ ಬಯಸುತ್ತದೆ. ಕೊನೇ ಗಳಿಗೆಯಲ್ಲಿ ಯಾರೂ ಸಿಗದೇ ಹೋದರೆ? ಗಾಡ್‌ಫಾದರ್ ಇಲ್ಲವೆಂದು ಸಂಸ್ಕಾರ ನಿಲ್ಲುವುದಿಲ್ಲ. ಕಾನೂನು ಹೇಳುವುದು "ಸಾಧ್ಯವಾದಷ್ಟು ಮಟ್ಟಿಗೆ ಒಬ್ಬರಿರಲಿ" ಎಂದಷ್ಟೇ. ಆಗ ತಂದೆ ತಾಯಿಯೇ ಮಗುವನ್ನು ಬಿಷಪ್ಪರ ಮುಂದೆ ಕರೆತರಲು ವಿಧಿಯಲ್ಲಿ ಅವಕಾಶವಿದೆ. ಆದರೆ ಹಾಗೆ ಕರೆತಂದ ಮಾತ್ರಕ್ಕೆ ನೀವು ಗಾಡ್‌ಮದರ್ ಆಗುವುದಿಲ್ಲ.

ಈಗ ನಿಮ್ಮ ಮನೆಯ ಸಂಗತಿ. ಪತ್ರದ ಕೊನೆಯಲ್ಲಿ ನೀವು ನಾಲ್ಕು ಜನರ ಬಗ್ಗೆ ಬರೆದಿದ್ದೀರಿ, ಒಬ್ಬೊಬ್ಬರನ್ನೇ ನೋಡೋಣ.

ಮೈದುನ ಮೊದಲನೆಯವರು. ದೂರದಲ್ಲಿರುವುದು ದೊಡ್ಡ ಅಡ್ಡಿ ಏನಲ್ಲ. ರಜೆ ಹೊಂದಿಸಿಕೊಂಡು ಬರಬಹುದು. ಬರಲಾಗದಿದ್ದರೆ ಅವರ ಬದಲಿಗೆ ಇನ್ನೊಬ್ಬರನ್ನು ನಿಲ್ಲಿಸುವ ರೂಢಿ ಕೆಲವು ಕಡೆ ಇದೆ, ಅದಕ್ಕೆ ಫಾದರ್ ಒಪ್ಪಿಗೆ ಮೊದಲೇ ಬೇಕು. ಅಡ್ಡಿ ಇರುವುದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ವಿಷಯದಲ್ಲಿ, ಅವರ ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಮಾತ್ರ ಆಗಿದೆ, ಚರ್ಚಿನಲ್ಲಿ ಆಗಿಲ್ಲ. ಇದನ್ನು "ನಂಬಿಕೆಗೆ ತಕ್ಕ ಬಾಳು" ಎಂಬ ಷರತ್ತಿನ ಅಡಿಯಲ್ಲಿ ನೋಡುತ್ತಾರೆ. ಹೆಸರು ಬರೆಸಿ, ಟಿಕೆಟ್ ಮಾಡಿಸಿ, ಹಿಂದಿನ ದಿನ ಅಭ್ಯಾಸಕ್ಕೆ ಬಂದಾಗ ಈ ವಿಷಯ ಎದ್ದರೆ ಎಲ್ಲರಿಗೂ ಮುಜುಗರ. ಅವರೇ ಈಗ ಫಾದರಿಗೆ ಫೋನ್ ಮಾಡಿ ಮಾತಾಡಲಿ. ಮದುವೆಯನ್ನು ಸಭೆಯಲ್ಲಿ ಸರಿಪಡಿಸಿಕೊಳ್ಳಲು ದಾರಿ ಇದೆ, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ.

ಎರಡನೆಯದು ನಿಮ್ಮ ಅಕ್ಕನ ಮಗ. ಮಗನಿಗೆ ಅಣ್ಣನೂ ಹೌದು, ಗೆಳೆಯನೂ ಹೌದು, ಆದರೆ 16 ತುಂಬಿಲ್ಲ. ತುಂಬಿದ್ದರೂ ನಾನು ಬೇಡವೆನ್ನುತ್ತಿದ್ದೆ. ಇಬ್ಬರೂ ಕ್ರಿಕೆಟ್ ಟೀಮಿನಲ್ಲಿ ಜೊತೆಯಾಗಿದ್ದರೆ ಸಾಕು.

ಮೂರನೆಯವರು ಶಾಲೆಯ ಮಾಸ್ತರು. ಒಳ್ಳೆಯವರು, ಮಗನಿಗೆ ಅವರೆಂದರೆ ಜೀವ, ಬೈಬಲನ್ನು ನಮ್ಮಲ್ಲಿ ಎಷ್ಟೋ ಜನರಿಗಿಂತ ಚೆನ್ನಾಗಿ ಬಲ್ಲವರು. ಆದರೆ ಅವರು ಸಿಎಸ್‌ಐ ಸಭೆಯವರು. ಜ್ಞಾನಸ್ನಾನದಲ್ಲಾದರೆ ಕಥೋಲಿಕ ಗಾಡ್‌ಫಾದರ್ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದಿತ್ತು. ಇಲ್ಲಿ ಆ ಸ್ಥಾನಕ್ಕೆ ಅವರ ಹೆಸರು ಬರೆಸಲಾಗದು. ಬಲಿಪೂಜೆಗೆ ಕರೆಯಿರಿ, ಮುಂದಿನ ಬೆಂಚಿನಲ್ಲಿ ಕೂರಿಸಿ.

ಉಳಿದವರು ಹೊನ್ನಾವರದ ನಿಮ್ಮ ತಂಗಿ. "ಹೆಂಗಸು, ಅದರಲ್ಲೂ ಮದುವೆಯಾಗಿಲ್ಲ" ಎಂದು ಸಂಕೋಚದಿಂದ ಬರೆದಿದ್ದೀರಿ. ಎರಡೂ ಅಡ್ಡಿಯಲ್ಲ. ಪ್ರತಿ ಭಾನುವಾರ ಪೂಜೆಗೆ ಹೋಗುವವರು, ಗಾಯನ ಮಂಡಳಿಯಲ್ಲಿ ಹಾಡುವವರು, ತಿಂಗಳಿಗೊಮ್ಮೆ ನಿಮ್ಮ ಮನೆಗೆ ಬರುವವರು, ಮಗ ಫೋನಿನಲ್ಲಿ ತಾನಾಗಿ ಮಾತಾಡುವ ಒಬ್ಬರೇ ದೊಡ್ಡವರು. ನನ್ನನ್ನು ಕೇಳಿದರೆ ಇವರೇ. ಅವರು ನಿಮ್ಮ ಚರ್ಚಿನವರಲ್ಲದ್ದರಿಂದ ಅವರ ದೃಢೀಕರಣ ಆದದ್ದಕ್ಕೆ ದಾಖಲೆ, ಜೊತೆಗೆ ಹೊನ್ನಾವರದ ಫಾದರ್ ಕೈಯಿಂದ ಒಂದು ಪತ್ರ ಕೇಳಬಹುದು. ತರಿಸಿಟ್ಟುಕೊಳ್ಳಿ. ಕೊನೆಯ ಮಾತು ಮಾತ್ರ ಮಗನದಾಗಲಿ. ದೊಡ್ಡವರು ಆರಿಸಿದ ಹೆಸರನ್ನು ಹದಿನಾಲ್ಕರ ಹುಡುಗ ತಲೆಯಾಡಿಸಿ ಒಪ್ಪುತ್ತಾನೆ, ಆಮೇಲೆ ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಕುಸ್ವಾರು ಕೊಡಲು ಹೋಗುವುದರಲ್ಲಿ ಆ ಸಂಬಂಧ ಮುಗಿಯುತ್ತದೆ. ಅತ್ತೆಗೆ ಮೇಲಿನ 1917, 1983ರ ಕಥೆ ಹೇಳಿ. ಅವರ ಕಾಲದಲ್ಲಿ ಬಿಷಪ್ ಕೆನ್ನೆಗೆ ಮೆಲ್ಲಗೆ ತಟ್ಟುತ್ತಿದ್ದದ್ದು ನೆನಪಿದೆಯೇ ಎಂದೂ ಕೇಳಿ. ಕಷ್ಟ ಸಹಿಸಲು ಸಿದ್ಧನಾಗು ಎಂಬುದರ ಗುರುತು ಅದು. 1971ರಲ್ಲಿ ಪೋಪ್ ಆರನೇ ಪೌಲರು ವಿಧಿಯನ್ನು ಪರಿಷ್ಕರಿಸಿದಾಗ ಅದು ಹೋಯಿತು. ನಿಯಮಗಳು ಬದಲಾಗುತ್ತವೆ ಎಂಬುದಕ್ಕೆ ಅವರ ಕೆನ್ನೆಯೇ ಸಾಕ್ಷಿ.

ಇನ್ನು ಎಣ್ಣೆಯ ವಿಷಯ. ಅದಕ್ಕೆ ಕ್ರಿಸ್ಮಾ ತೈಲ ಎನ್ನುತ್ತಾರೆ. ಆಲಿವ್ ಎಣ್ಣೆ ಅಥವಾ ಬೇರೆ ಸಸ್ಯದ ಎಣ್ಣೆಗೆ ಸುಗಂಧ ಬೆರೆಸಿ ಮಾಡುವಂಥದ್ದು. ಪವಿತ್ರ ವಾರದಲ್ಲಿ, ಪವಿತ್ರ ಗುರುವಾರ ಅಥವಾ ಅದಕ್ಕೂ ಮೊದಲಿನ ಒಂದು ದಿನ, ಧರ್ಮಪ್ರಾಂತ್ಯದ ಗುರುಗಳೆಲ್ಲ ಬಿಷಪ್ಪರ ಸುತ್ತ ಸೇರಿ ಅರ್ಪಿಸುವ ಪೂಜೆಯಲ್ಲಿ ಮೂರು ಎಣ್ಣೆಗಳು ಸಿದ್ಧವಾಗುತ್ತವೆ. ರೋಗಿಗಳಿಗೆ ಒಂದು, ಜ್ಞಾನಸ್ನಾನಕ್ಕೆ ತಯಾರಾಗುವವರಿಗೆ ಒಂದು, ಮೂರನೆಯದು ಕ್ರಿಸ್ಮಾ. ಪರಿಮಳ ಬೆರೆಸುವುದು ಇದೊಂದಕ್ಕೇ. ಬಿಷಪ್ ಅದರ ಮೇಲೆ ಉಸಿರೂದುತ್ತಾರೆ. ಕೆಲವು ಸಂದರ್ಭಗಳಲ್ಲಿ ಬಿಷಪ್ಪರ ಬದಲು ಫಾದರ್ ದೃಢೀಕರಣ ಕೊಡಬಹುದು, ಆದರೆ ಎಣ್ಣೆ ಮಾತ್ರ ಬಿಷಪ್ ಪವಿತ್ರೀಕರಿಸಿದ್ದೇ ಆಗಿರಬೇಕು.

ಮಗನಿಗೆ ಹೇಳಲು ಇಲ್ಲಿಂದ ಶುರು ಮಾಡಿ: ಈ ಎಣ್ಣೆ ಅವನಿಗೆ ಹೊಸದಲ್ಲ. ಕೂಸಾಗಿದ್ದಾಗ ನೀರು ಹೊಯ್ದ ಮೇಲೆ ಅವನ ನೆತ್ತಿಗೆ ಹಚ್ಚಿದ್ದು ಇದೇ ಕ್ರಿಸ್ಮಾ. ಗುರುದೀಕ್ಷೆಯಲ್ಲಿ ಫಾದರ್ ಅಂಗೈಗೆ ಹಚ್ಚುವುದೂ ಇದೇ, ಹೊಸ ಚರ್ಚಿನ ಬಲಿಪೀಠಕ್ಕೆ ಬಳಿಯುವುದೂ ಇದೇ. ಇಸ್ರಾಯೇಲಿನಲ್ಲಿ ಅರಸರನ್ನೂ ಯಾಜಕರನ್ನೂ ಎಣ್ಣೆ ಹೊಯ್ದು ಆ ಕೆಲಸಕ್ಕೆ ಮೀಸಲಿಡುತ್ತಿದ್ದರು. ಕ್ರಿಸ್ತ ಎಂದರೆ ಹಾಗೆ ಅಭಿಷೇಕಗೊಂಡವನು. ದನಕ್ಕೆ ಹಾಕುವ ಬರೆಯ ಹಾಗೆ ಇದು ಅಳಿಯದ ಗುರುತು, ಆದರೆ ಬೀಳುವುದು ಚರ್ಮದ ಮೇಲಲ್ಲ. ಅದಕ್ಕೇ ಈ ಸಂಸ್ಕಾರ ಜೀವನದಲ್ಲಿ ಒಂದೇ ಸಲ.

ಒಂದೇ ಸಲ ಎಂಬುದರಿಂದ ಒಂದು ಎಚ್ಚರಿಕೆ ಕೈಗಾ ಟೌನ್‌ಶಿಪ್ಪಿನ, ನೌಕಾನೆಲೆಯ ಕೇರಳ ಮೂಲದ ಕುಟುಂಬಗಳಿಗೂ ಸೇರಿ. ಸಿರಿಯನ್ ಪರಂಪರೆಯ ಸಭೆಗಳಲ್ಲಿ ಎಷ್ಟೋ ಮಕ್ಕಳಿಗೆ ಜ್ಞಾನಸ್ನಾನದ ಜೊತೆಗೇ ಈ ಅಭಿಷೇಕವೂ ಆಗಿರುತ್ತದೆ. ಅಂಥವರು ಇಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲುವಂತಿಲ್ಲ. ಮೊದಲು ಜ್ಞಾನಸ್ನಾನದ ಸರ್ಟಿಫಿಕೇಟ್ ತೆಗೆದು ನೋಡಬೇಕು.

ಆ ದಿನ ನಡೆಯುವುದು ಹೀಗೆ. ಶುಭಸಂದೇಶ, ಪ್ರಬೋಧನೆ ಆದ ಮೇಲೆ ಮಕ್ಕಳು ಎದ್ದು ನಿಂತು ಜ್ಞಾನಸ್ನಾನದ ವಾಗ್ದಾನಗಳನ್ನು ತಾವೇ ಹೇಳುತ್ತಾರೆ. ಬಿಷಪ್ ಎಲ್ಲರ ಮೇಲೆ ಕೈ ಚಾಚಿ ಪವಿತ್ರಾತ್ಮರ ಏಳು ವರಗಳಿಗಾಗಿ ಪ್ರಾರ್ಥಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮುಂದೆ ಹೋಗುವುದು. ನಿಮ್ಮ ತಂಗಿ ಮಗನ ಹಿಂದೆ ನಿಂತು ಬಲಗೈಯನ್ನು ಅವನ ಭುಜದ ಮೇಲಿಡುತ್ತಾರೆ, ಅವನ ಹೆಸರು ಹೇಳುತ್ತಾರೆ, ಅಥವಾ ಅವನೇ ಹೇಳುತ್ತಾನೆ. ಬಿಷಪ್ ಬಲಗೈ ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿ ಹಣೆಯ ಮೇಲೆ ಶಿಲುಬೆ ಎಳೆಯುತ್ತಾ, ಪವಿತ್ರಾತ್ಮರೆಂಬ ವರದ ಮುದ್ರೆಯನ್ನು ಸ್ವೀಕರಿಸು ಎಂಬ ಅರ್ಥದ ಮಾತು ಹೇಳುತ್ತಾರೆ. ಅದಕ್ಕೆ ಮಗ "ಆಮೆನ್" ಅನ್ನಬೇಕು. ಪೂಜೆ ಕೊಂಕಣಿಯಲ್ಲಿರಲಿ ಕನ್ನಡದಲ್ಲಿರಲಿ ಆ ಉತ್ತರ ಒಂದೇ, ಆದರೂ ಗಾಬರಿಯಲ್ಲಿ ಮರೆಯುವವರು ಅದನ್ನೇ. ಕೊನೆಗೆ ಬಿಷಪ್ ಶಾಂತಿ ಹಾರೈಸುತ್ತಾರೆ, ಅದಕ್ಕೂ ಉತ್ತರವಿದೆ. ಹಣೆಗೆ ಬೀಳುವ ಕೂದಲನ್ನು ಮೇಲೆ ಬಾಚಿಸಿ. ನಮ್ಮ ಕರಾವಳಿಯ ಸೆಕೆಗೆ ಎಣ್ಣೆ ಹುಬ್ಬಿಗೆ ಇಳಿದರೆ ಹೆದರಿ ಒರೆಸಿಕೊಳ್ಳಬೇಕಿಲ್ಲ, ಒರೆಸಿದರೂ ಸಂಸ್ಕಾರ ಕೆಡುವುದಿಲ್ಲ.

ತಯಾರಿ ಎಂದರೆ ಏಳು ವರಗಳ ಹೆಸರು ಬಾಯಿಪಾಠ ಮಾಡಿಸುವುದರಲ್ಲೇ ಎಷ್ಟೋ ಮನೆಗಳಲ್ಲಿ ಮುಗಿಯುತ್ತದೆ. ಬಿಷಪ್ ಪ್ರಶ್ನೆ ಕೇಳಿದರೆ ಎಂಬ ಭಯ ಅದಕ್ಕೆ ಕಾರಣ. ನಾನಾದರೆ ವಾಗ್ದಾನಗಳ ಮೇಲೆ ಸಮಯ ಕೊಡುತ್ತೇನೆ. "ಸೈತಾನನನ್ನೂ ಅವನ ಕೆಲಸಗಳನ್ನೂ ತ್ಯಜಿಸುತ್ತೀಯಾ" ಎಂದರೆ ಅವನ ಕ್ಲಾಸಿನಲ್ಲಿ, ಅವನ ಮೊಬೈಲಿನಲ್ಲಿ ಏನು ಎಂದು ಚಿಕ್ಕಮ್ಮನ ಜೊತೆ ಕೂತು ಮಾತಾಡಲಿ, ನೀವು ಆ ಕೋಣೆಯಲ್ಲಿರಬೇಡಿ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯವನ್ನೂ ಇಬ್ಬರೂ ಓದಲಿ. ಸಮಾರ್ಯದವರಿಗೆ ಜ್ಞಾನಸ್ನಾನ ಆಗಿತ್ತು, ಪೇತ್ರ ಯೊವಾನ್ನರು ಜೆರುಸಲೇಮಿನಿಂದ ಬಂದು ಕೈಯಿಟ್ಟ ಮೇಲೆ ಅವರು ಪವಿತ್ರಾತ್ಮರನ್ನು ಪಡೆದರು. ಬಿಷಪ್ ಯಾಕೆ ಬರಬೇಕು ಎಂಬುದಕ್ಕೆ ಅಲ್ಲಿ ಉತ್ತರವಿದೆ. ಹಿಂದಿನ ವಾರ ಪಾಪನಿವೇದನೆ ಮಾಡಿಸಿ.

ಮಗ "ನನಗೆ ಈಗ ಬೇಡ" ಎಂದರೆ ಒತ್ತಾಯ ಬೇಡ. ಮನಸ್ಸಿಲ್ಲದೆ ಪಡೆಯುವುದು ಸಭೆಗೂ ಬೇಕಿಲ್ಲ. ಮುಂದಿನ ಸಲ ಬಿಷಪ್ ಬಂದಾಗ ಆದೀತು. ಆದರೆ ಮದುವೆಗೆ ಮೊದಲು ದೃಢೀಕರಣ ಆಗಿರಲಿ ಎಂದು ಸಭೆ ಬಯಸುತ್ತದೆ ಎಂಬುದನ್ನೂ ಅವನಿಗೆ ತಿಳಿಸಿ.

ಎಲ್ಲ ಮುಗಿದ ಮೇಲೆ ಚರ್ಚಿನ ದೃಢೀಕರಣ ರಿಜಿಸ್ಟರಿನಲ್ಲಿ ಮಗನ, ನಿಮ್ಮಿಬ್ಬರ, ಗಾಡ್‌ಮದರಿನ, ಬಿಷಪ್ಪರ ಹೆಸರು, ಸ್ಥಳ, ತಾರೀಕು ಬರೆಯುತ್ತಾರೆ. ಜ್ಞಾನಸ್ನಾನ ಬೇರೆ ಊರಲ್ಲಿ ಆಗಿದ್ದರೆ ಆ ಚರ್ಚಿಗೂ ತಿಳಿಸುತ್ತಾರೆ. ನಿಮ್ಮ ಮಗನದು ಶಿರಸಿಯಲ್ಲಿ ಆದದ್ದು ಎಂದು ಬರೆದಿದ್ದೀರಿ. ಕೆಲವು ತಿಂಗಳ ನಂತರ ಅಲ್ಲಿಂದ ಹೊಸದಾಗಿ ಒಂದು ಜ್ಞಾನಸ್ನಾನದ ಸರ್ಟಿಫಿಕೇಟ್ ತರಿಸಿ, ದೃಢೀಕರಣ ಆದದ್ದು ಅದರಲ್ಲಿ ನಮೂದಾಗಿದೆಯೇ, ಹೆಸರಿನ ಅಕ್ಷರಗಳು ಎರಡೂ ಕಡೆ ಒಂದೇ ಇವೆಯೇ ಎಂದು ನೋಡಿಕೊಳ್ಳಿ.