ರೇಷ್ಮೆ ಎಳೆಯ ಎರಡು ಕೋನಗಳು: ರಾಮಚಂದ್ರನ್ ನಕ್ಷೆಯನ್ನು ಓದುವ ಬಗೆ

ಶಿಡ್ಲಘಟ್ಟದ ಕಡೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಹೊತ್ತಿಗೆ ಅದರ ಗ್ರಂಥಿ ತುಂಬ ಫೈಬ್ರಾಯಿನ್ ಎಂಬ ಪ್ರೋಟೀನ್ ನೀರಿನಲ್ಲಿ ಕರಗಿದ ಗಟ್ಟಿ ದ್ರವವಾಗಿ ಇರುತ್ತದೆ. ಅದೇ ಫೈಬ್ರಾಯಿನ್ ಹುಳುವಿನ ಬಾಯಿಯಿಂದ ಹೊರಬಂದ ಮೇಲೆ ಕುದಿಯುವ ನೀರಿಗೂ ಕರಗುವುದಿಲ್ಲ. ಗೂಡನ್ನು ಬೇಯಿಸಿದಾಗ ಮೆತ್ತಗಾಗುವುದು ಮೇಲಿನ ಸೆರಿಸಿನ್ ಅಂಟು ಮಾತ್ರ. ಒಳಗಿನ ಎಳೆ ಹಾಗೇ ಉಳಿಯುವುದರಿಂದಲೇ ನೂಲು ಬಿಚ್ಚಲು ಸಾಧ್ಯ. ಗ್ರಂಥಿಯಲ್ಲೂ ಎಳೆಯಲ್ಲೂ ಅಮೈನೋ ಆಮ್ಲಗಳ ಸರಣಿ ಒಂದೇ: ಗ್ಲೈಸೀನ್, ಅಲನೀನ್, ಗ್ಲೈಸೀನ್, ಅಲನೀನ್, ಗ್ಲೈಸೀನ್, ಸೆರೀನ್ ಎಂಬ ಆರರ ಗುಂಪು ಮತ್ತೆ ಮತ್ತೆ ಬರುತ್ತದೆ. ಬದಲಾಗಿದ್ದು ಸರಪಳಿಯ ಮಡಿಕೆ. ಆ ಮಡಿಕೆಯನ್ನು ಪ್ರತಿ ಅಮೈನೋ ಆಮ್ಲಕ್ಕೆ ಎರಡೇ ಕೋನಗಳಲ್ಲಿ ಬರೆದಿಡಬಹುದು. ಎರಡೇ ಸಾಕಾಗುವುದಕ್ಕೆ ಕಾರಣ ಪೆಪ್ಟೈಡ್ ಬಂಧದ ಚಪ್ಪಟೆತನ.

ಒಂದು ಅಮೈನೋ ಆಮ್ಲದ ಕಾರ್ಬೊನಿಲ್ ಕಾರ್ಬನ್ನು ಮುಂದಿನದರ ನೈಟ್ರೋಜನ್ನಿಗೆ ಸೇರುವ ಬಂಧವೇ ಪೆಪ್ಟೈಡ್ ಬಂಧ. ಕಾಗದದ ಮೇಲೆ ಅದನ್ನು ಒಂಟಿ ಗೆರೆಯಾಗಿ ಬರೆಯುತ್ತೇವೆ. ಆದರೆ ನೈಟ್ರೋಜನ್ ತನ್ನ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ, ಪಕ್ಕದ ಕಾರ್ಬೊನಿಲ್ ಗುಂಪಿನ ಜೊತೆ ಹಂಚಿಕೊಳ್ಳುತ್ತದೆ. ಹಾಗಾಗಿ ಈ ಬಂಧಕ್ಕೆ ಅರ್ಧಂಬರ್ಧ ಜೋಡಿ ಬಂಧದ ಗುಣ ಬರುತ್ತದೆ. ಅಳತೆಯಲ್ಲೂ ಅದು ಕಾಣುತ್ತದೆ. ಕಾರ್ಬನ್ ಮತ್ತು ನೈಟ್ರೋಜನ್ ನಡುವಿನ ಸಾಮಾನ್ಯ ಒಂಟಿ ಬಂಧ ಸುಮಾರು 1.47 ಆಂಗ್‌ಸ್ಟ್ರಾಮ್ ಉದ್ದವಿದ್ದರೆ ಪೆಪ್ಟೈಡ್ ಬಂಧ 1.33 ಮಾತ್ರ. ಇದನ್ನು ತಿರುಗಿಸಲು ಒಂದು ಮೋಲ್‌ಗೆ ಸುಮಾರು 20 ಕಿಲೋಕ್ಯಾಲರಿ ಬೇಕು. ಕೋಣೆಯ ಉಷ್ಣತೆಯಲ್ಲಿ ಅಣುಗಳಿಗೆ ಸಿಗುವ ಕಂಪನ ಶಕ್ತಿಗೆ ಅದು ತೀರ ದೊಡ್ಡ ಅಡ್ಡಗೋಡೆ.

ಇದರಿಂದ ಆರು ಪರಮಾಣುಗಳು ಒಂದೇ ಸಮತಲದಲ್ಲಿ ಸಿಕ್ಕಿಕೊಳ್ಳುತ್ತವೆ: ಅಮೈನೋ ಆಮ್ಲದ ನಡುವಿನ ಕಾರ್ಬನ್ ಆದ ಆಲ್ಫಾ ಕಾರ್ಬನ್, ಕಾರ್ಬೊನಿಲ್ ಕಾರ್ಬನ್, ಅದರ ಆಕ್ಸಿಜನ್, ನೈಟ್ರೋಜನ್, ಅದರ ಹೈಡ್ರೋಜನ್, ಮತ್ತು ಮುಂದಿನ ಆಲ್ಫಾ ಕಾರ್ಬನ್. ಪೆಪ್ಟೈಡ್ ಬಂಧದ ಸುತ್ತಲಿನ ತಿರುವಿಗೆ ಒಮೇಗಾ ಎಂದು ಹೆಸರು. ಹೆಚ್ಚುಕಮ್ಮಿ ಎಲ್ಲ ಕಡೆ ಅದು 180 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಪಕ್ಕದ ಎರಡು ಆಲ್ಫಾ ಕಾರ್ಬನ್‌ಗಳ ಅಂತರವೂ 3.8 ಆಂಗ್‌ಸ್ಟ್ರಾಮ್‌ಗೆ ನಿಲ್ಲುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಎರಡು ಚೂರು ಕತ್ತರಿಸಿ ಮೂಲೆಗೆ ಮೂಲೆ ದಾರದಿಂದ ಕಟ್ಟಿ ನೋಡಿ. ಕಾಗದ ಬಾಗುವುದಿಲ್ಲ, ಗಂಟಿನಲ್ಲಿ ಮಾತ್ರ ತಿರುಗುತ್ತದೆ. ಆ ಗಂಟೇ ಆಲ್ಫಾ ಕಾರ್ಬನ್.

ಗಂಟಿನ ಎರಡು ಬದಿಗೆ ಎರಡು ತಿರುವುಗಳಿವೆ. ನೈಟ್ರೋಜನ್ ಮತ್ತು ಆಲ್ಫಾ ಕಾರ್ಬನ್ ನಡುವಿನ ಬಂಧದ ತಿರುವು ಫೈ. ಆಲ್ಫಾ ಕಾರ್ಬನ್ ಮತ್ತು ಕಾರ್ಬೊನಿಲ್ ಕಾರ್ಬನ್ ನಡುವಿನದು ಸೈ. ಪ್ರತಿ ತಿರುವನ್ನು ಅಳೆಯಲು ಸಾಲಾಗಿ ನಾಲ್ಕು ಪರಮಾಣು ಬೇಕು. ಫೈಗೆ ಹಿಂದಿನ ಅಮೈನೋ ಆಮ್ಲದ ಕಾರ್ಬೊನಿಲ್ ಕಾರ್ಬನ್ ಬೇಕು, ಸೈಗೆ ಮುಂದಿನದರ ನೈಟ್ರೋಜನ್ ಬೇಕು. ಸರಪಳಿಯ ಮೊದಲನೆಯದಕ್ಕೆ ಫೈ, ಕೊನೆಯದಕ್ಕೆ ಸೈ ಇಲ್ಲದಿರುವುದು ಇದರಿಂದಲೇ. ನಡುವಿನ ಬಂಧದ ಉದ್ದಕ್ಕೆ ಕಣ್ಣಿಟ್ಟು ನೋಡಿದಾಗ ಹತ್ತಿರದ ತುದಿಗಿಂತ ದೂರದ ತುದಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದ್ದರೆ ಕೋನ ಧನ, ಎದುರು ದಿಕ್ಕಾದರೆ ಋಣ. ಪ್ರೋಟೀನ್ ರಚನೆ ನೋಡುವ ತಂತ್ರಾಂಶವಾದ ಪೈಮಾಲ್‌ನಲ್ಲಿ ಎ ಸರಪಳಿಯ 41ನೆಯ ಅಮೈನೋ ಆಮ್ಲದ ಫೈ ಮತ್ತು ಸೈ ತೆಗೆಯುವುದು ಹೀಗೆ:

```
get_dihedral A/40/C, A/41/N, A/41/CA, A/41/C
get_dihedral A/41/N, A/41/CA, A/41/C, A/42/N
```

ಗಂಟು ತಿರುಗುತ್ತದೆ ಎಂದ ಮಾತ್ರಕ್ಕೆ ಎಲ್ಲ ಕೋನಗಳೂ ಸಿಗುವುದಿಲ್ಲ. ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಎರಡು ಪರಮಾಣುಗಳು ಒಂದರ ಮೇಲೊಂದು ಬೀಳುತ್ತವೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಜಿ.ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದ ಕೆಲಸ ಈ ಡಿಕ್ಕಿಗಳ ಲೆಕ್ಕ. ಅವರ ಕೊಲಾಜೆನ್ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರ ಬಂದಿವೆ ಎಂಬ ಆಕ್ಷೇಪ ಬಂದಿತ್ತು. ನಿಜಕ್ಕೂ ಎಷ್ಟು ಹತ್ತಿರ ಬರಬಹುದು ಎಂದು ತಿಳಿಯಲು ಅವರು ಅದುವರೆಗೆ ಗೊತ್ತಿದ್ದ ಸ್ಫಟಿಕ ರಚನೆಗಳನ್ನು ತಡಕಿದರು. ಎರಡು ಆಕ್ಸಿಜನ್‌ಗಳಿಗೆ 2.7 ಆಂಗ್‌ಸ್ಟ್ರಾಮ್, ಎರಡು ಹೈಡ್ರೋಜನ್‌ಗಳಿಗೆ 2.0, ಎರಡು ಕಾರ್ಬನ್‌ಗಳಿಗೆ 3.2 ಎಂಬಂತೆ ಸಾಮಾನ್ಯ ಮಿತಿಗಳನ್ನು ಹಾಕಿಕೊಂಡರು, ಸ್ವಲ್ಪ ಸಡಿಲಿಸಿದ ಇನ್ನೊಂದು ಮಿತಿಯನ್ನೂ ಇಟ್ಟುಕೊಂಡರು. ಇಂದಿನ ಪುಸ್ತಕಗಳಲ್ಲಿ ಕಾಣುವ ಒಳಗೆರೆ, ಹೊರಗೆರೆಗಳ ಮೂಲ ಅದು.

ಈ ಲೆಕ್ಕದಿಂದ ಬಂದ ರಾಮಚಂದ್ರನ್ ನಕ್ಷೆಯಲ್ಲಿ ಅಡ್ಡಕ್ಕೆ ಫೈ, ಉದ್ದಕ್ಕೆ ಸೈ, ಎರಡೂ ಋಣ 180ರಿಂದ ಧನ 180ರವರೆಗೆ. ಪ್ರತಿ ಅಮೈನೋ ಆಮ್ಲಕ್ಕೆ ಒಂದು ಚುಕ್ಕೆ. ಇದನ್ನು ಓದಲು ಬಣ್ಣದ ಜಾಗಗಳಿಗಿಂತ ಖಾಲಿ ಜಾಗಗಳಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಪ್ರತಿ ಖಾಲಿ ಜಾಗಕ್ಕೂ ಒಂದು ನಿರ್ದಿಷ್ಟ ಡಿಕ್ಕಿ ಕಾರಣ. ಫೈ ಸೊನ್ನೆ, ಸೈ 180 ಇಟ್ಟರೆ ಹಿಂದಿನ ಸಮತಲದ ಆಕ್ಸಿಜನ್ನೂ ಮುಂದಿನ ಸಮತಲದ ಆಕ್ಸಿಜನ್ನೂ ಮುಖಾಮುಖಿ ಬಂದು ಕೂರುತ್ತವೆ. ಫೈ 180, ಸೈ ಸೊನ್ನೆ ಇಟ್ಟರೆ ಎರಡು ನೈಟ್ರೋಜನ್‌ಗಳ ಹೈಡ್ರೋಜನ್‌ಗಳು ತಾಗುತ್ತವೆ. ಎರಡೂ ಸೊನ್ನೆಯಾದರೆ ಹಿಂದಿನ ಆಕ್ಸಿಜನ್ ಮುಂದಿನ ಹೈಡ್ರೋಜನ್ನಿನ ಮೇಲೆ ಬೀಳುತ್ತದೆ. ನಕ್ಷೆಯ ಬಲ ಅರ್ಧ ಹೆಚ್ಚು ಖಾಲಿ ಇರುವುದಕ್ಕೆ ಬೀಟಾ ಕಾರ್ಬನ್, ಅಂದರೆ ಆಲ್ಫಾ ಕಾರ್ಬನ್ನಿನಿಂದ ಪಕ್ಕಕ್ಕೆ ಚಾಚುವ ಗುಂಪಿನ ಮೊದಲ ಕಾರ್ಬನ್, ಕಾರಣ. ನಮ್ಮ ಪ್ರೋಟೀನ್‌ಗಳು ಎಡಗೈ ಜಾತಿಯ, ಅಂದರೆ ಎಲ್ ಅಮೈನೋ ಆಮ್ಲಗಳಿಂದ ಆದವು. ಅವುಗಳಲ್ಲಿ ಫೈ ಧನ 120ರ ಹತ್ತಿರ ಬಂದಾಗ ಪಕ್ಕದ ಗುಂಪಿನ ಬೀಟಾ ಕಾರ್ಬನ್ ನೇರವಾಗಿ ಹಿಂದಿನ ಕಾರ್ಬೊನಿಲ್‌ಗೆ ಎದುರಾಗುತ್ತದೆ. ಫೈ ಋಣ 120 ಆದಾಗ ಅದೇ ಜಾಗದಲ್ಲಿ ಪುಟ್ಟ ಹೈಡ್ರೋಜನ್ ಇರುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಇವೆಲ್ಲ ಕಳೆದು ಅಲನೀನ್‌ನಂಥದಕ್ಕೆ ಉಳಿಯುವುದು ಒಟ್ಟು ನಕ್ಷೆಯ ಕಾಲು ಭಾಗಕ್ಕಿಂತ ಕಡಿಮೆ.

ಉಳಿದ ಜಾಗದಲ್ಲಿ ಮೇಲಿನ ಎಡಮೂಲೆ ಬೀಟಾ ಹಾಳೆಯದು, ಫೈ ಋಣ 120ರಿಂದ ಋಣ 140, ಸೈ 115ರಿಂದ 135ರ ಸುತ್ತ. ಅದರ ಬಲಕ್ಕೆ ಒತ್ತಿಕೊಂಡು ಫೈ ಋಣ 75, ಸೈ 145ರಲ್ಲಿ ಪಾಲಿಪ್ರೋಲೀನ್ ಸುರುಳಿ, ಕೊಲಾಜೆನ್ ಕೂಡ ಅಲ್ಲೇ. ಕೆಳಗಿನ ಎಡಕ್ಕೆ ಬಲತಿರುವಿನ ಆಲ್ಫಾ ಸುರುಳಿ, ಸರಿಸುಮಾರು ಋಣ 60, ಋಣ 45. ಬಲಕ್ಕೆ ಫೈ 57, ಸೈ 47ರ ಹತ್ತಿರ ಎಡತಿರುವಿನ ಸುರುಳಿಯ ಸಣ್ಣ ದ್ವೀಪ. ನಕ್ಷೆಗೆ ಅಂಚಿಲ್ಲ ಎಂಬುದನ್ನು ಮರೆಯಬಾರದು: ಮೇಲಿನ ಅಂಚು ಕೆಳಗಿನ ಅಂಚಿಗೆ ಕೂಡಿದೆ. ಸೈ ಋಣ 175 ಇರುವ ಚುಕ್ಕೆ ತೀರ ಕೆಳಗೆ ಒಂಟಿಯಾಗಿ ಕಂಡರೂ ಅದು ಬೀಟಾ ಪ್ರದೇಶದ್ದೇ.

ಗ್ಲೈಸೀನ್‌ಗೆ ಬೀಟಾ ಕಾರ್ಬನ್ ಇಲ್ಲ. ಎಡಕ್ಕೆ ಏನು ಸಲ್ಲುತ್ತದೋ ಬಲಕ್ಕೂ ಅದೇ ಸಲ್ಲುತ್ತದೆ, ನಕ್ಷೆ ಕೇಂದ್ರದ ಸುತ್ತ ಸಮಸಮವಾಗಿ ಹರಡುತ್ತದೆ. ಪ್ರೋಲೀನ್ ಇದಕ್ಕೆ ತದ್ವಿರುದ್ಧ: ಅದರ ಉಂಗುರ ಫೈಯನ್ನು ಋಣ 65ರ ಆಸುಪಾಸಿಗೆ ಕಟ್ಟಿಹಾಕುತ್ತದೆ. ಆದ್ದರಿಂದ ಗ್ಲೈಸೀನ್, ಪ್ರೋಲೀನ್, ಪ್ರೋಲೀನ್‌ಗೆ ಮುಂಚಿನದು ಇವಕ್ಕೆಲ್ಲ ಬೇರೆ ಬೇರೆ ನಕ್ಷೆ ಇಟ್ಟುಕೊಂಡೇ ಓದಬೇಕು.

ಈಗ ಫೈಬ್ರಾಯಿನ್‌ಗೆ ಬರೋಣ. ಗ್ಲೈಸೀನ್, ಅಲನೀನ್ ಸರದಿಯಲ್ಲಿ ಬರುವ ಸರಪಳಿ ನೂಲಾಗುವ ಮೊದಲು ಯಾವ ಆಕಾರದಲ್ಲಿರುತ್ತದೆ ಎಂಬುದಕ್ಕೆ ಘನಸ್ಥಿತಿಯ ಎನ್‌ಎಂಆರ್ ಅಳತೆಗಳಿಂದ ಕಟ್ಟಿದ ಒಂದು ಮಾದರಿ ಇದೆ. ಅದರಲ್ಲಿ ಅಲನೀನ್ ಫೈ ಋಣ 60, ಸೈ 130ರಲ್ಲೂ ಗ್ಲೈಸೀನ್ ಫೈ 70, ಸೈ 30ರಲ್ಲೂ ಕೂರುತ್ತವೆ. ಎರಡನ್ನೂ ನಕ್ಷೆಯಲ್ಲಿ ಗುರುತು ಮಾಡಿ. ಅಲನೀನ್ ಮೇಲಿನ ಎಡಭಾಗದಲ್ಲಿ, ಪಾಲಿಪ್ರೋಲೀನ್ ಸುರುಳಿಯ ಪಕ್ಕದಲ್ಲಿದೆ. ಗ್ಲೈಸೀನ್ ಬಲಕ್ಕೆ, ಆ ಸಣ್ಣ ದ್ವೀಪದ ಬಳಿ. ಹೀಗೆ ಒಂದು ಎಡಕ್ಕೆ ಒಂದು ಬಲಕ್ಕೆ ಬಂದರೆ ಸರಪಳಿ ಹೆಜ್ಜೆಹೆಜ್ಜೆಗೂ ಬಳುಕಿ ತನ್ನೊಳಗೇ ಮಡಚಿಕೊಳ್ಳುತ್ತದೆ.

ಹುಳು ತಲೆಯಾಡಿಸಿ ಎಳೆ ಎಳೆದಾಗ ನೀರು ಹೋಗಿ, ಸರಪಳಿ ಚಾಚಿ, ಪಕ್ಕಪಕ್ಕದ ಸರಪಳಿಗಳು ಎದುರುಬದುರು ದಿಕ್ಕಿಗೆ ಕೂಡಿ ಬೀಟಾ ಹಾಳೆಯಾಗುತ್ತವೆ. 1955ರಲ್ಲಿ ಮಾರ್ಷ್, ಕೋರಿ, ಪಾಲಿಂಗ್ ರೇಷ್ಮೆಗೆ ಕೊಟ್ಟ ರಚನೆ ಇಂಥದೇ. ಹಾಳೆಯಲ್ಲಿ ಎರಡೂ ಅಮೈನೋ ಆಮ್ಲಗಳು ಫೈ ಋಣ 140, ಸೈ 135ರ ಸುತ್ತ ಬರುತ್ತವೆ. ಒಂದೊಂದೂ ಎಳೆಯ ಉದ್ದಕ್ಕೆ ಸುಮಾರು 3.5 ಆಂಗ್‌ಸ್ಟ್ರಾಮ್ ಕೊಡುತ್ತದೆ. ಆಲ್ಫಾ ಸುರುಳಿಯಲ್ಲಿ ಅದು 1.5 ಮಾತ್ರ. ಅಲನೀನ್ ತನ್ನ ಪ್ರದೇಶದೊಳಗೇ ಸ್ವಲ್ಪ ಎಡಕ್ಕೆ ಸರಿದರೆ ಸಾಕಾಯಿತು. ದೂರ ಹೋಗಬೇಕಾದದ್ದು ಗ್ಲೈಸೀನ್, ನಕ್ಷೆಯ ಬಲದಿಂದ ಎಡಕ್ಕೆ. ಬೀಟಾ ಕಾರ್ಬನ್ ಇಲ್ಲದ ಕಾರಣ ಅದಕ್ಕೆ ಎರಡು ಕಡೆಯೂ ಮನೆ ಇದೆ. ಆ ಜಾಗದಲ್ಲಿ ಅಲನೀನ್ ಇದ್ದಿದ್ದರೆ ಫೈ 70ರಲ್ಲಿ ಅಷ್ಟು ಸಲೀಸಾಗಿ ಕೂರುತ್ತಿರಲಿಲ್ಲ.

ಪ್ರೋಟೀನ್ ಮಾದರಿ ಕಟ್ಟುವವರಿಗೆ ಈ ನಕ್ಷೆ ತಪ್ಪು ಹಿಡಿಯುವ ಸಾಧನ. ಒಂದು ಮಾಮೂಲಿ ತಪ್ಪನ್ನು ಬಿಡಿಸಿ ನೋಡಬಹುದು. ಎಕ್ಸ್‌ರೇ ಚಿತ್ರ ಮಸುಕಾಗಿದ್ದಾಗ ಕಾರ್ಬೊನಿಲ್ ಆಕ್ಸಿಜನ್ ಯಾವ ಕಡೆಗೆ ಚಾಚಿದೆ ಎಂದು ಕಾಣುವುದಿಲ್ಲ, ಇಡೀ ಸಮತಲ ತಲೆಕೆಳಗಾಗಿ ಕೂತುಬಿಡುತ್ತದೆ. ಆಲ್ಫಾ ಕಾರ್ಬನ್‌ಗಳು ಇದ್ದಲ್ಲೇ ಇರುವುದರಿಂದ ಸರಪಳಿಯ ಜಾಡು ಸರಿಯಾಗೇ ಕಾಣುತ್ತದೆ. 40 ಮತ್ತು 41ರ ನಡುವಿನ ಸಮತಲ ಹೀಗೆ ಮಗುಚಿದರೆ 40ರ ಸೈ ಮತ್ತು 41ರ ಫೈ ಎರಡೂ ಸುಮಾರು 180 ಡಿಗ್ರಿ ಬದಲಾಗುತ್ತವೆ. ಇವು ಆಲ್ಫಾ ಸುರುಳಿಯೊಳಗಿದ್ದವು ಎಂದಿಟ್ಟುಕೊಳ್ಳಿ. 40 ಈಗ ಋಣ 60, ಧನ 135ಕ್ಕೆ ಹೋಗುತ್ತದೆ. ಅದು ಒಪ್ಪಿತ ಜಾಗವೇ ಆದ್ದರಿಂದ ಯಾವ ತಂತ್ರಾಂಶವೂ ಅದಕ್ಕೆ ಕೆಂಪು ಗುರುತು ಹಾಕುವುದಿಲ್ಲ. 41 ಧನ 120, ಋಣ 45ಕ್ಕೆ ಹೋಗಿ ಕೆಂಪಾಗುತ್ತದೆ. 41ರ ಪಕ್ಕದ ಗುಂಪನ್ನು ಎಷ್ಟು ತಿರುವಿದರೂ ಅದು ಸರಿಹೋಗದು, ದೋಷವಿರುವುದು ಅದರ ಹಿಂದಿನ ಸಮತಲದಲ್ಲಿ. ಸುರುಳಿಯ ನಡುವೆ ಒಂದು ಚುಕ್ಕೆ ಕೆಂಪಾಗಿ, ಅದರ ಹಿಂದಿನದು ಕಾರಣವಿಲ್ಲದೆ ಮೇಲಕ್ಕೆ ಹಾರಿದ್ದರೆ ಮೊದಲು ನಡುವಿನ ಆಕ್ಸಿಜನ್ನನ್ನು ನೋಡಬೇಕು. ಸುರುಳಿಯ ಉಳಿದ ಆಕ್ಸಿಜನ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವಾಗ ಇದೊಂದು ಎದುರು ದಿಕ್ಕಿಗಿರುತ್ತದೆ.

ಕೆಂಪು ಚುಕ್ಕೆಯೆಲ್ಲ ತಪ್ಪೂ ಅಲ್ಲ. ಕಿಣ್ವಗಳ ಕೆಲಸದ ಜಾಗದಲ್ಲಿ ಬಿಗಿದುಕೊಂಡ ಅಮೈನೋ ಆಮ್ಲ ನಿಜವಾಗಿಯೂ ಹೊರಗಿರಬಹುದು, ಎಲೆಕ್ಟ್ರಾನ್ ಸಾಂದ್ರತೆ ಅದನ್ನು ಸ್ಪಷ್ಟವಾಗಿ ತೋರಿಸಿದರೆ ಹಾಗೇ ಬಿಡಬೇಕು. ಈಗ ಬಳಕೆಯಲ್ಲಿರುವ ಅಳತೆಗೋಲಿನ ಪ್ರಕಾರ ಒಳ್ಳೆಯ ಮಾದರಿಯಲ್ಲಿ 98 ಶೇಕಡಾಕ್ಕಿಂತ ಹೆಚ್ಚು ಚುಕ್ಕೆಗಳು ಒಳಗೆರೆಯೊಳಗೆ ಇರಬೇಕು. 300 ಅಮೈನೋ ಆಮ್ಲಗಳ ಪ್ರೋಟೀನ್‌ನಲ್ಲಿ ನಾಲ್ಕೈದು ಒಳಗೆರೆಯ ಆಚೆಗಿದ್ದರೆ ಗಾಬರಿಯಿಲ್ಲ, ಆದರೆ ಹೊರಗೆರೆಯನ್ನೂ ದಾಟಿದವು ಮೂರ್ನಾಲ್ಕು ಇದ್ದರೆ ಒಂದೊಂದನ್ನೂ ತೆರೆದು ನೋಡಬೇಕು. ಮಾದರಿಯನ್ನು ತಿದ್ದುವಾಗ ಚುಕ್ಕೆಗಳನ್ನು ಒಪ್ಪಿತ ಜಾಗಕ್ಕೆ ಎಳೆಯುವಂತೆ ತಂತ್ರಾಂಶಕ್ಕೆ ಮೊದಲೇ ಹೇಳಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ, ಆಗ ನಕ್ಷೆ ಚೆಂದ ಕಾಣುವುದು ಖಚಿತ.

ಇನ್ನೊಂದನ್ನು ಈ ನಕ್ಷೆ ತೋರಿಸುವುದೇ ಇಲ್ಲ: ಒಮೇಗಾ. ಸಮತಲ ಚಪ್ಪಟೆಯಾಗಿದೆ ಎಂದು ನಂಬಿಕೊಂಡೇ ಅದನ್ನು ಬರೆಯಲಾಗಿದೆ. ಪ್ರೋಲೀನ್‌ಗೆ ಮುಂಚಿನ ಬಂಧಗಳಲ್ಲಿ ಸುಮಾರು 5 ಶೇಕಡಾ ಸೊನ್ನೆ ಡಿಗ್ರಿಯ, ಅಂದರೆ ಸಿಸ್ ರೂಪದಲ್ಲಿರುತ್ತವೆ. ಉಳಿದೆಡೆ ಅದು ಸಾವಿರಕ್ಕೊಂದೂ ಸಿಗದಷ್ಟು ವಿರಳ. ಫೈ, ಸೈ ಎರಡೂ ಒಳಗೆರೆಯಲ್ಲಿದ್ದು ಒಮೇಗಾ 140ಕ್ಕೆ ತಿರುಚಿಕೊಂಡಿರುವ ಮಾದರಿ ನಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಅದನ್ನು ಬೇರೆಯಾಗಿ ಅಳೆಯಬೇಕು:

```
get_dihedral A/40/CA, A/40/C, A/41/N, A/41/CA
```

ಉತ್ತರ 180ರಿಂದ ಐದಾರು ಡಿಗ್ರಿ ಆಚೀಚೆ ಇದ್ದರೆ ಸಹಜ. ಸಿಸ್ ಬಂಧವಲ್ಲದಿದ್ದೂ 30 ಡಿಗ್ರಿಗಿಂತ ಹೆಚ್ಚು ಸರಿದಿದ್ದರೆ ಆ ಸಮತಲವನ್ನು ಮತ್ತೆ ಕಟ್ಟಿ, ಆಮೇಲೆ ಫೈ, ಸೈಗಳನ್ನು ಹೊಸದಾಗಿ ತೆಗೆಯಬೇಕು.