ಲ್ಯಾಬ್ ಶೀಟಿಗೆ ರೀಡಿಂಗ್ ಬರೆಯಿರಿ, ಉತ್ತರ ಬೇಡ

ಸರಳ ಲೋಲಕದ ಪ್ರಯೋಗ ಮುಗಿಸಿ ಕಳಿಸುವ ಶೀಟುಗಳಲ್ಲಿ ಮುಕ್ಕಾಲುಪಾಲು ಒಂದೇ ಥರ ಇರುತ್ತವೆ. ಒಂದು ಕಾಲಂನಲ್ಲಿ ಉದ್ದ, ಪಕ್ಕದಲ್ಲಿ ಆವರ್ತಕಾಲ 2.01, 1.91, 1.80, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ g. ಇದರಲ್ಲಿ ರೀಡಿಂಗ್ ಎಲ್ಲಿದೆ? ಸ್ಟಾಪ್‌ವಾಚಿನಲ್ಲಿ 2.01 ಎಂಬ ಅಂಕಿಯನ್ನು ನೀವ್ಯಾರೂ ನೋಡಿಲ್ಲ. ನೋಡಿದ್ದು 20 ಆಂದೋಲನಕ್ಕೆ 40.2. ಅದನ್ನು 20ರಿಂದ ಭಾಗಿಸಿದ್ದು ಆಮೇಲಿನ ಕೆಲಸ. ಕಣ್ಣಿಗೆ ಕಂಡದ್ದು ರೀಡಿಂಗ್, ಕ್ಯಾಲ್ಕುಲೇಟರಿನಿಂದ ಬಂದದ್ದು ಲೆಕ್ಕ. ಪ್ರತಿ ಸೆಮಿಸ್ಟರಿನಲ್ಲೂ ಹೇಳುವ ಈ ಮಾತನ್ನು ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಒಂದು ಬ್ಯಾಚಿನ ಮೊದಲ ಉದ್ದದ ರೀಡಿಂಗ್ ಹೀಗಿದೆ ಅಂದುಕೊಳ್ಳಿ:

```
thread_cm,bob_dia_cm,trial,n,t_s,remark
99.0,2.00,1,20,40.3,
99.0,2.00,2,20,38.2,miscount
99.0,2.00,3,20,40.0,
99.0,2.00,4,20,40.2,
```

ದಾರದ ಉದ್ದ ಒಂದು ಕಾಲಂ, ಗುಂಡಿನ ವ್ಯಾಸ ಇನ್ನೊಂದು. ಮೀಟರ್ ಸ್ಕೇಲಿನಲ್ಲಿ ಓದಿದ್ದು ದಾರವನ್ನು, ವರ್ನಿಯರಿನಲ್ಲಿ ಓದಿದ್ದು ವ್ಯಾಸವನ್ನು. ಎರಡನ್ನೂ ಕೂಡಿಸಿ ಬರೀ 100 ಅಂತ ಬರೆದರೆ, ನೀವು ಕೂಡಿಸಿದ್ದು ತ್ರಿಜ್ಯವನ್ನೋ ವ್ಯಾಸವನ್ನೋ ಅಂತ ಶೀಟು ನೋಡುವವರಿಗೆ ಗೊತ್ತಾಗುವುದಿಲ್ಲ. ಗುಂಡನ್ನು ಪೂರ್ತಿ ಮರೆತಿದ್ದರೆ ಉದ್ದ 99 ಆಗಿ g ಶೇಕಡಾ 1ರಷ್ಟು ಕಡಿಮೆ ಬರುತ್ತದೆ. ತ್ರಿಜ್ಯದ ಬದಲು ವ್ಯಾಸ ಕೂಡಿಸಿದ್ದರೆ ಅಷ್ಟೇ ಹೆಚ್ಚು. ಬೇರೆ ಬೇರೆ ಕಾಲಂ ಇದ್ದರೆ ಇದನ್ನು ಅರ್ಧ ನಿಮಿಷದಲ್ಲಿ ಸರಿಮಾಡಬಹುದು.

ಎರಡನೆಯ ಸಾಲು ನೋಡಿ. ಉಳಿದ ಮೂರೂ 40ರ ಆಸುಪಾಸು ಇರುವಾಗ ಇದೊಂದು 38.2. ವ್ಯತ್ಯಾಸ ಸುಮಾರು 2 ಸೆಕೆಂಡ್, ಅಂದರೆ ಸರಿಯಾಗಿ ಒಂದು ಆಂದೋಲನದ ಕಾಲ. ಗಡಿಯಾರ ಒತ್ತುವಾಗಲೇ "ಒಂದು" ಅಂತ ಎಣಿಕೆ ಶುರುಮಾಡಿದರೆ ಹೀಗಾಗುತ್ತದೆ. ಬಾಯಲ್ಲಿ ಇಪ್ಪತ್ತು ಅಂದಾಗ ಗುಂಡು ತೂಗಿದ್ದು 19 ಸಲ ಮಾತ್ರ. ಒತ್ತುವಾಗ "ಸೊನ್ನೆ" ಅನ್ನಬೇಕು. ನಾಲ್ಕೂ ಸಲ "ಒಂದು" ಅಂತಲೇ ಶುರುಮಾಡಿದವರಿಗೆ g 10.8ರ ಹತ್ತಿರ ಬರುತ್ತದೆ. ಉದ್ದಕ್ಕೆ ಎದುರಾಗಿ T² ಹಾಕಿದ ಗ್ರಾಫ್ ನೇರವಾಗಿಯೇ ಇರುತ್ತದೆ, ಮೂಲಬಿಂದುವಿನ ಮೂಲಕವೇ ಹೋಗುತ್ತದೆ, ಆದ್ದರಿಂದ ಅದನ್ನು ನೋಡಿ ತಪ್ಪು ಹಿಡಿಯಲು ಆಗುವುದಿಲ್ಲ. ಆದರೆ n ಮತ್ತು t_s ಎರಡೂ ಶೀಟಿನಲ್ಲಿದ್ದರೆ 20ರ ಜಾಗದಲ್ಲಿ 19 ಹಾಕಿ ನೋಡಬಹುದು, g ಸರಿಯಾಗಿ ಕೂರುತ್ತದೆ. ಬರೀ 10.8 ಅಂತ ಬರೆದು ಕಳಿಸಿದರೆ ಯಾರೂ ಏನೂ ಮಾಡಲಾರರು.

ತಪ್ಪಿದ ಸಾಲನ್ನು ಅಳಿಸಬೇಡಿ. ಅಬ್ಸರ್ವೇಶನ್ ಬುಕ್ಕಿನಲ್ಲಿ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಂಕಿ ಕಾಣುತ್ತಿರಬೇಕು. ವೈಟ್ನರ್ ಹಚ್ಚಿದ ಪುಟ ವಾಪಸ್ ಬರುತ್ತದೆ. ಶೀಟಿನಲ್ಲೂ ಆ ಸಾಲು ಇರಲಿ, ಪಕ್ಕದಲ್ಲಿ ಕಾರಣ ಬರೆಯಿರಿ, ಸರಾಸರಿಗೆ ಮಾತ್ರ ಸೇರಿಸಬೇಡಿ. ಸೇರಿಸಿದರೆ g 10.03, ಬಿಟ್ಟರೆ 9.79. "ಉಳಿದವಕ್ಕೆ ಹೊಂದಲಿಲ್ಲ" ಅನ್ನುವುದು ಕಾರಣವಲ್ಲ. ಎಣಿಕೆ ತಪ್ಪಿತು, ಗುಂಡು ಗುಂಡಗೆ ತಿರುಗಿತು, ಫ್ಯಾನ್ ಗಾಳಿ ಬಡಿಯಿತು, ಇವು ಕಾರಣ. ಕಾರಣ ಗೊತ್ತಿಲ್ಲದಿದ್ದರೆ ಆ ರೀಡಿಂಗ್ ಸರಾಸರಿಯಲ್ಲಿ ಉಳಿಯಬೇಕು, ನಿಮಗೆ ಇಷ್ಟವಾದರೂ ಸರಿ, ಆಗದಿದ್ದರೂ ಸರಿ.

9.8 ಬರಲಿಲ್ಲ ಅಂತ ಹೆದರಿ, ಉತ್ತರದಿಂದ ಹಿಂದಕ್ಕೆ ಲೆಕ್ಕಹಾಕಿ ರೀಡಿಂಗ್ ಬರೆಯುವವರಿಗೂ ಒಂದು ಮಾತು. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಅಕ್ಷಾಂಶ 13 ಡಿಗ್ರಿ. ಇಲ್ಲಿ g ಸುಮಾರು 9.78. ಇನ್ನು 40 ಸೆಕೆಂಡಿನಲ್ಲಿ 0.1 ಸೆಕೆಂಡ್ ಆಚೀಚೆ ಆದರೆ g 0.05ರಷ್ಟು ಸರಿಯುತ್ತದೆ. ಅಂದಮೇಲೆ 9.78 ಮತ್ತು 9.80ರ ನಡುವಿನ ವ್ಯತ್ಯಾಸ ನಿಮ್ಮ ಗಡಿಯಾರಕ್ಕೆ ಕಾಣುವಂಥದ್ದೇ ಅಲ್ಲ. ಎರಡರಲ್ಲಿ ಯಾವುದಕ್ಕೆ ಗುರಿಯಿಟ್ಟರೂ ವ್ಯರ್ಥ. ಕೈಯಲ್ಲಿ ಒತ್ತುವ ಗಡಿಯಾರದಲ್ಲಿ ಒಂದೆರಡು ದಶಾಂಶ ಏರುಪೇರು ಆಗಿಯೇ ಆಗುತ್ತದೆ. ಐದು ಉದ್ದಕ್ಕೂ ಮೂರು ಮೂರು ಸಲ ಒಂದೇ ಅಂಕಿ, ಐದರಲ್ಲೂ g 9.80 ಅಂತಿದ್ದರೆ ಅದನ್ನು ಎಲ್ಲಿ ಕೂತು ಬರೆದಿರಿ ಅಂತ ಕೇಳಬೇಕಾಗಿಯೇ ಇಲ್ಲ.

ಇನ್ನು ಟೈಪಿಂಗ್. ಯೂನಿಟ್ ಇರಬೇಕಾದದ್ದು ಮೇಲಿನ ತಲೆಸಾಲಿನಲ್ಲಿ, ಒಂದೊಂದು ಸೆಲ್‌ನಲ್ಲಿ ಅಲ್ಲ. ಒಂದು ಸೆಲ್‌ನಲ್ಲಿ `40.3 s` ಅಂತ ಟೈಪ್ ಮಾಡಿದಿರಿ ಅನ್ನಿ, ಕಂಪ್ಯೂಟರ್ ಅದನ್ನು ಅಕ್ಷರ ಅಂದುಕೊಳ್ಳುತ್ತದೆ, ಸಂಖ್ಯೆ ಅಂತಲ್ಲ. ಆಮೇಲೆ `=AVERAGE(E2,E4:E5)` ಕೊಟ್ಟರೆ ಆ ಸೆಲ್ಲನ್ನು ಸದ್ದಿಲ್ಲದೆ ಬಿಟ್ಟು ಉಳಿದವುಗಳ ಸರಾಸರಿ ಕೊಡುತ್ತದೆ. ದೂರೂ ಇಲ್ಲ, ಕೆಂಪು ಗುರುತೂ ಇಲ್ಲ. ಗುರುತಿಸುವುದು ಸುಲಭ: ನೀವು ಜಾಗ ಬದಲಿಸದೆ ಬಿಟ್ಟಿದ್ದರೆ ಸಂಖ್ಯೆ ಸೆಲ್‌ನ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ಚೆಂದ ಕಾಣಲಿ ಅಂತ ಎಲ್ಲವನ್ನೂ ಮಧ್ಯಕ್ಕೆ ತಂದವರು ಈ ಸುಳಿವನ್ನೂ ಕಳೆದುಕೊಳ್ಳುತ್ತಾರೆ.

ಸೊನ್ನೆಯ ತಕರಾರು ಇನ್ನೊಂದು. 40.0 ಟೈಪ್ ಮಾಡಿದರೆ ಸೆಲ್‌ನಲ್ಲಿ 40 ಉಳಿಯುತ್ತದೆ. 40.0 ಅಂದರೆ ದಶಾಂಶದವರೆಗೂ ನೋಡಿದ್ದೇನೆ ಅಂತ ಅರ್ಥ, 40 ಅಂದರೆ ಹಾಗಲ್ಲ. ಕಾಲಂ ಆರಿಸಿ `Ctrl+1` ಒತ್ತಿ, ಸಂಖ್ಯೆಗೆ ದಶಾಂಶ ಸ್ಥಾನ 1 ಕೊಡಿ. ವ್ಯಾಸದ ಕಾಲಂಗೆ 2. ಆಮೇಲೆ CSV ಆಗಿ ಉಳಿಸಿ. ಲ್ಯಾಬಿನ ಲಿಬ್ರೆಆಫೀಸ್‌ನಲ್ಲಿ ಉಳಿಸುವಾಗ `Save cell content as shown` ಮುಂದೆ ಟಿಕ್ ಇರಲಿ. ಉಳಿಸಿದ ಫೈಲನ್ನು ಪರೀಕ್ಷಿಸಲು ನೋಟ್‌ಪ್ಯಾಡಿನಲ್ಲೇ ತೆರೆಯಿರಿ. ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಸೇವ್ ಒತ್ತಿದರೆ ಸೊನ್ನೆಗಳು ಮತ್ತೆ ಮಾಯ.

ಹೆಸರು ಹೀಗಿರಲಿ:

```
24BP007_E02_2026-02-10_V1.csv
```

ರೋಲ್ ನಂಬರ್, ಪ್ರಯೋಗದ ಸಂಖ್ಯೆ, ದಿನಾಂಕ, ಎಷ್ಟನೆಯ ಪ್ರತಿ. ದಿನಾಂಕ ರೀಡಿಂಗ್ ತೆಗೆದ ದಿನದ್ದು, ಕಳಿಸಿದ ದಿನದ್ದಲ್ಲ. ವರ್ಷ ಮೊದಲು ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಒಬ್ಬೊಬ್ಬರ ಪ್ರಯೋಗದ ಪ್ರತಿಗಳೂ ದಿನದ ಕ್ರಮದಲ್ಲಿ ಬರುತ್ತವೆ. 03-04 ಮಾರ್ಚೋ ಏಪ್ರಿಲ್ಲೋ ಎಂಬ ಗೊಂದಲವೂ ಇರುವುದಿಲ್ಲ. `E2` ಬೇಡ, `E02` ಇರಲಿ, ಇಲ್ಲದಿದ್ದರೆ ಎಷ್ಟೋ ಕಡೆ ಹತ್ತನೆಯ ಪ್ರಯೋಗ ಎರಡನೆಯದಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೆ. ಖಾಲಿ ಜಾಗ, ಬ್ರಾಕೆಟ್, `final`, `final new` ಯಾವುದೂ ಬೇಡ. ಅರವತ್ತು ಜನ `lab.csv` ಕಳಿಸಿದರೆ ಇಳಿಸಿಕೊಂಡವರ ಕಂಪ್ಯೂಟರಿನಲ್ಲಿ `lab (59).csv` ವರೆಗೂ ಆಗುತ್ತದೆ, ಯಾವುದು ಯಾರದ್ದು ಅಂತ ಒಂದೊಂದನ್ನೂ ತೆರೆದೇ ನೋಡಬೇಕು.

ಶೀಟಿನ ಜೊತೆ ಅಬ್ಸರ್ವೇಶನ್ ಪುಟದ ಫೋಟೋ ಬೇಕು, ಲ್ಯಾಬಿನಲ್ಲಿ ಹಾಕಿಸಿಕೊಂಡ ಸಹಿ ಅದರಲ್ಲಿ ಕಾಣಬೇಕು. ಹೆಸರು ಅದೇ, ಕೊನೆಯಲ್ಲಿ `.jpg`. ವಾಟ್ಸಾಪಿನಲ್ಲಿ ಬರೀ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಪೆನ್ಸಿಲ್ ಅಂಕಿ ಮಸುಕಾಗುತ್ತದೆ, ಕೊಟ್ಟ ಹೆಸರೂ ಹೋಗುತ್ತದೆ. ತರಗತಿಯ ಗೂಗಲ್ ಫಾರ್ಮಿಗೇ ಹಾಕಿ. ಬೇಲೂರು, ಆಲೂರು ಕಡೆಯಿಂದ ಬರುವವರು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ ಅಂತ ಗೊತ್ತು, ಕಷ್ಟವೂ ಗೊತ್ತು. ಆದರೆ ಆ ಕುಲುಕಾಟದಲ್ಲಿ 40.2 ಹೋಗಿ 42.0 ಆಗುತ್ತದೆ. ಲ್ಯಾಬ್ ಬಿಡುವ ಮೊದಲಿನ ಹತ್ತು ನಿಮಿಷದಲ್ಲೇ ಒಬ್ಬರು ಪುಟ ಓದಿ, ಇನ್ನೊಬ್ಬರು ಟೈಪ್ ಮಾಡಿ.

ಕಳಿಸಿದ ಮೇಲೆ ತಪ್ಪು ಕಂಡರೆ V1 ತೆಗೆಸಬೇಡಿ. V2 ಅಂತ ಇನ್ನೊಂದು ಹಾಕಿ, ಬದಲಿಸಿದ ಸಾಲಿನ `remark`ನಲ್ಲಿ ಹಳೆಯ ಅಂಕಿ ಎಷ್ಟಿತ್ತು, ಯಾಕೆ ಬದಲಿಸಿದಿರಿ ಅಂತ ಬರೆಯಿರಿ. ಬರೆಯುವಾಗ ಕಾಮಾ ಬಳಸಬೇಡಿ. ಕೈಯಲ್ಲಿ ಟೈಪ್ ಮಾಡಿದ CSVಯಲ್ಲಿ ಒಂದು ಕಾಮಾ ಹೆಚ್ಚಾದರೆ ಆ ಸಾಲಿಗೆ ಇನ್ನೊಂದು ಕಾಲಂ ಹುಟ್ಟಿಕೊಳ್ಳುತ್ತದೆ.