"ಬ್ಲಾಕ್ ಆಗಿದೆ" ಎನ್ನುತ್ತಿದ್ದ ಆ ಪುಟ ಎಲ್ಲಿ ಹೋಯಿತು?

ಮೊದಲೆಲ್ಲ ಆಫೀಸಿನಲ್ಲೋ ಕಾಲೇಜಿನಲ್ಲೋ ಒಂದು ಸೈಟ್ ಬ್ಲಾಕ್ ಆಗಿದ್ದರೆ ಅದು ನೇರವಾಗಿಯೇ ತಿಳಿಯುತ್ತಿತ್ತು. ಕೆಂಪು ಪಟ್ಟಿಯ ಪುಟವೊಂದು ಬರುತ್ತಿತ್ತು. ಈ ಸೈಟ್ ಆಟಗಳ ವರ್ಗಕ್ಕೆ ಸೇರಿದೆ, ಸಂಸ್ಥೆಯ ನಿಯಮದಂತೆ ತಡೆದಿದ್ದೇವೆ, ತಪ್ಪು ಅನ್ನಿಸಿದರೆ ಇಂಥ ವಿಳಾಸಕ್ಕೆ ಬರೆಯಿರಿ ಅಂತ ಅದರಲ್ಲಿ ಇರುತ್ತಿತ್ತು. ಸಿಟ್ಟು ಬರುತ್ತಿತ್ತು, ನಿಜ. ಆದರೆ ಗೊಂದಲ ಇರಲಿಲ್ಲ.

ಈಗ ಅದೇ ಜಾಗದಲ್ಲಿ ಬರುವುದು `ERR_CONNECTION_RESET`. ಸೈಟೇ ಬಿದ್ದಿದೆಯಾ, ವೈಫೈ ಕೆಟ್ಟಿದೆಯಾ, ಯಾರಾದರೂ ತಡೆದಿದ್ದಾರಾ, ಒಂದೂ ಗೊತ್ತಾಗಲ್ಲ. ಜನ ಮೂರು ಸಲ ರಿಫ್ರೆಶ್ ಮಾಡುತ್ತಾರೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತಾರೆ, ಕೊನೆಗೆ ಸುಮ್ನೆ ಬಿಟ್ಟುಬಿಡುತ್ತಾರೆ. ತಡೆಯುವ ಕೆಲಸ ಹಾಗೇ ಮುಂದುವರಿದಿದೆ, ಹೇಳುವ ಕೆಲಸ ಮಾತ್ರ ನಿಂತುಹೋಗಿದೆ. ಇದು ಹೇಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1990ರ ದಶಕದಲ್ಲಿ ಇಂಟರ್ನೆಟ್ ಲೈನ್ ತುಂಬಾ ನಿಧಾನ. ಒಬ್ಬರು ತೆರೆದ ಪುಟವನ್ನು ಕೂಡಿಟ್ಟು, ಅದನ್ನೇ ಇನ್ನೊಬ್ಬರಿಗೂ ಕೊಡಲು ಸಂಸ್ಥೆಗಳು ಮಧ್ಯದಲ್ಲಿ ಪ್ರಾಕ್ಸಿ ಸರ್ವರ್ ಇಡುತ್ತಿದ್ದವು. 1996ರಲ್ಲಿ ಬಂದ ಸ್ಕ್ವಿಡ್ ಇಂಥದ್ದೇ ಒಂದು. ಎಲ್ಲರ ಬೇಡಿಕೆಯೂ ಒಂದೇ ಬಾಗಿಲಿನಲ್ಲಿ ಹಾದುಹೋಗುವಾಗ, ಆ ಬಾಗಿಲಲ್ಲಿ ಒಂದು ಪಟ್ಟಿ ಇಟ್ಟು "ಇವು ಬೇಡ" ಅನ್ನುವುದು ಕಷ್ಟವೇ ಅಲ್ಲ. ಸೈಟುಗಳನ್ನು ವರ್ಗಗಳಾಗಿ ಹಂಚಿ ಪಟ್ಟಿ ಮಾರುವ ಕಂಪನಿಗಳೂ ಅದೇ ಹೊತ್ತಿಗೆ ಹುಟ್ಟಿಕೊಂಡವು. 2000ದಲ್ಲಿ ಅಮೆರಿಕ ಒಂದು ಕಾನೂನು ತಂದಿತು. ಇಂಟರ್ನೆಟ್ ವೆಚ್ಚದಲ್ಲಿ ಸರ್ಕಾರದ ರಿಯಾಯಿತಿ ಪಡೆಯುವ ಶಾಲೆ, ಗ್ರಂಥಾಲಯಗಳು ಅಶ್ಲೀಲ ಚಿತ್ರಗಳನ್ನು ತಡೆಯುವ ಫಿಲ್ಟರ್ ಇಡಲೇಬೇಕು ಎಂದಿತು. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಫಿಲ್ಟರ್ ಅನ್ನುವುದು ನೆಲೆಯೂರಿದ ವ್ಯವಹಾರವಾಯಿತು.

ಆದರೆ ಕಾಲೇಜುಗಳ ನೆಟ್‌ವರ್ಕ್ ಕೋಣೆಯವರಿಗೆ ನಿಜವಾದ ಬಿಸಿ ಮುಟ್ಟಿಸಿದ್ದು ನ್ಯಾಪ್‌ಸ್ಟರ್. ಹಾಡುಗಳನ್ನು ಒಬ್ಬರಿಂದೊಬ್ಬರು ಇಳಿಸಿಕೊಳ್ಳುವ ಈ ತಂತ್ರಾಂಶ 1999ರಲ್ಲಿ ಬಂತು. 2000ದ ಹೊತ್ತಿಗೆ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಅದನ್ನು ಬ್ಲಾಕ್ ಮಾಡಿದವು. ಲೈನಿನ ದೊಡ್ಡ ಪಾಲನ್ನು ಹಾಡುಗಳೇ ನುಂಗುತ್ತಿದ್ದವು. ಆಮೇಲೆ ಹಕ್ಕುದಾರರ ದೂರುಗಳೂ ಶುರುವಾದವು. ದೂರು ಬರುವುದು ವಿದ್ಯಾರ್ಥಿಯ ಹೆಸರಿಗಲ್ಲ, ಸಂಸ್ಥೆಗೆ. ಏಕೆಂದರೆ ಹೊರಗಿನ ಜಗತ್ತಿಗೆ ಒಳಗಿನ ಸಾವಿರಾರು ಜನ ಬೆರಳೆಣಿಕೆಯ ಐಪಿ ವಿಳಾಸಗಳಾಗಿ ಮಾತ್ರ ಕಾಣುತ್ತಾರೆ. ಲೈನ್ ಉಳಿಸಬೇಕು, ವೈರಸ್ ತಡೆಯಬೇಕು, ದೂರು ತಪ್ಪಿಸಬೇಕು. ಇವತ್ತಿಗೂ ಹೆಚ್ಚಿನ ಬ್ಲಾಕ್‌ಗಳ ಹಿಂದೆ ಇರುವುದು ಈ ಮೂರೇ. ಯಾರೋ ಕೂತು ನಿಮ್ಮ ಸೈಟನ್ನೇ ನೋಡಿ ಬೇಡ ಅಂದಿರುವುದು ತೀರಾ ಅಪರೂಪ.

ಇಲ್ಲಿಯವರೆಗೆ ಬ್ಲಾಕ್ ಪುಟ ಚೆನ್ನಾಗಿಯೇ ಇತ್ತು. ಅದು ಕಾಣೆಯಾಗಲು ಕಾರಣವಾದದ್ದು ಒಂದು ಒಳ್ಳೆಯ ಬದಲಾವಣೆಯೇ.

2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಬೇಹುಗಾರಿಕೆಯ ಬಗ್ಗೆ ಸ್ನೋಡೆನ್ ಬಯಲು ಮಾಡಿದ ಕಡತಗಳ ನಂತರ, ಸೈಟುಗಳು ತಮ್ಮ ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವುದು ವೇಗ ಪಡೆಯಿತು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಇದಕ್ಕೆ ಬೇಕಾದ ಸೈಟಿನ ಗುರುತಿನ ಚೀಟಿಯನ್ನು, ಅಂದರೆ ಸರ್ಟಿಫಿಕೇಟನ್ನು, ಯಾರಿಗೆ ಬೇಕಾದರೂ ಪುಕ್ಕಟೆ ಕೊಡಲು ಶುರು ಮಾಡಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಹಳೆಯ ಎಚ್‌ಟಿಟಿಪಿ ಸೈಟುಗಳ ಮೇಲೆಲ್ಲ "Not secure" ಎಂದು ತೋರಿಸತೊಡಗಿತು. ಹೀಗೆ ಕೆಲವೇ ವರ್ಷಗಳಲ್ಲಿ ವೆಬ್ ಹೆಚ್ಚೂಕಡಿಮೆ ಪೂರ್ತಿ ಗೂಢಲಿಪಿಯ ಎಚ್‌ಟಿಟಿಪಿಎಸ್ ಆಯಿತು.

ಫಿಲ್ಟರ್‌ಗೆ ಇದರಿಂದ ಕಣ್ಣು ಮಂಜಾಯಿತು. ಮೊದಲು ಅದಕ್ಕೆ `example.org/games/chess.html` ಎಂದು ಪೂರ್ತಿ ವಿಳಾಸ ಕಾಣುತ್ತಿತ್ತು. ಆಟದ ಪುಟ ತಡೆದು ಪಾಠದ ಪುಟ ಬಿಡಬಹುದಿತ್ತು. ಈಗ ಸಾಮಾನ್ಯವಾಗಿ ಕಾಣುವುದು `example.org` ಅಷ್ಟೇ. ಒಳಗೆ ಯಾವ ಪುಟ ಅಂತ ತಿಳಿಯುವುದಿಲ್ಲ. ಹಾಗಾಗಿ ಇಡೀ ಸೈಟ್ ಬಿಡಬೇಕು, ಇಲ್ಲವೇ ಇಡೀ ಸೈಟ್ ತಡೆಯಬೇಕು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ.

ಎರಡನೆಯ ಪೆಟ್ಟು ಇನ್ನೂ ಜೋರು. ಎಚ್‌ಟಿಟಿಪಿಎಸ್‌ನ ಉದ್ದೇಶವೇ ಮಧ್ಯದವರು ಸೈಟಿನ ಹೆಸರಲ್ಲಿ ಉತ್ತರ ಕೊಡದಂತೆ ನೋಡಿಕೊಳ್ಳುವುದು. ಬ್ಲಾಕ್ ಪುಟ ತೋರಿಸುವುದು ಅಂದರೆ ಅದೇ ತಾನೇ? ನೀವು ಕೇಳಿದ್ದು ಒಂದು ಸೈಟನ್ನು, ಉತ್ತರ ಕೊಟ್ಟದ್ದು ಸಂಸ್ಥೆಯ ಬಾಗಿಲಲ್ಲಿ ಫಿಲ್ಟರ್ ನಡೆಸುವ ಫೈರ್‌ವಾಲ್. ಬ್ರೌಸರ್ ಅದನ್ನು ಒಪ್ಪುವುದಿಲ್ಲ.

ಸಂಸ್ಥೆಗಳ ಮುಂದೆ ಎರಡು ದಾರಿ ಉಳಿದವು. ಆಫೀಸಿನದೇ ಲ್ಯಾಪ್‌ಟಾಪ್ ಆದರೆ ಫೈರ್‌ವಾಲ್ ಕೊಡುವ ಸರ್ಟಿಫಿಕೇಟನ್ನು ಬ್ರೌಸರ್ ನಂಬುವಂತೆ, ಅದರೊಳಗೆ ಸಂಸ್ಥೆಯ ಸ್ವಂತ ರೂಟ್ ಸರ್ಟಿಫಿಕೇಟ್ ಹಾಕಿಡಬಹುದು. ಆಗ ಫೈರ್‌ವಾಲ್ ಸಂಪರ್ಕವನ್ನು ಮಧ್ಯದಲ್ಲಿ ಬಿಚ್ಚಿ, ಓದಿ, ಮತ್ತೆ ಮುಚ್ಚಿ ಕಳಿಸುತ್ತದೆ. ಬ್ಲಾಕ್ ಪುಟವೂ ನೆಟ್ಟಗೆ ಬರುತ್ತದೆ. ಅದರ ಜೊತೆಗೆ ನಿಮ್ಮ ಖಾಸಗಿ ಮೇಲ್ ಕೂಡ ಸಂಸ್ಥೆಗೆ ಕಾಣಬಹುದು ಎನ್ನುವುದನ್ನು ಎಷ್ಟು ಜನರಿಗೆ ಸ್ಪಷ್ಟವಾಗಿ ಹೇಳಿರುತ್ತಾರೋ! ಕಾಲೇಜಿನಲ್ಲಾದರೆ ಎಲ್ಲರೂ ತಂತಮ್ಮ ಫೋನ್, ಲ್ಯಾಪ್‌ಟಾಪ್ ತಂದಿರುತ್ತಾರೆ. ಅವುಗಳೊಳಗೆ ಸರ್ಟಿಫಿಕೇಟ್ ಹಾಕಲು ಆಗುವುದಿಲ್ಲ. ಅಲ್ಲಿ ಫೈರ್‌ವಾಲ್ ಬರೀ ಹೆಸರು ನೋಡಿ ಸಂಪರ್ಕ ಕಡಿದುಬಿಡುತ್ತದೆ. ಇಲ್ಲವೇ ತನ್ನದೇ ಸರ್ಟಿಫಿಕೇಟ್ ಮುಂದೆ ಚಾಚುತ್ತದೆ, ಬ್ರೌಸರ್ "ಯಾರೋ ನಿಮ್ಮ ಮಾಹಿತಿ ಕದಿಯುತ್ತಿರಬಹುದು" ಎಂದು ಹೆದರಿಸುತ್ತದೆ.

ನಾನು ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಅಧ್ಯಾಪಕಿಯೊಬ್ಬರು ಬಂದು, "ಸರ್, ಕಾರ್ಯಾಗಾರದ ನೋಂದಣಿ ಸೈಟ್ ಹ್ಯಾಕ್ ಆಗಿದೆ ಅನ್ಸುತ್ತೆ" ಅಂದರು. ಪರದೆಯ ಮೇಲೆ `NET::ERR_CERT_AUTHORITY_INVALID`. ಅವರ ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ತೆರೆದೆವು. ಸಲೀಸಾಗಿ ತೆರೆಯಿತು. ಅಂದರೆ ಸೈಟ್ ಸರಿಯಿದೆ, ತಕರಾರು ನಮ್ಮ ಕಡೆಯದು. ಮತ್ತೆ ಕಂಪ್ಯೂಟರ್‌ಗೆ ಬಂದು, ವಿಳಾಸದ ಎಡಕ್ಕಿರುವ ಗುರುತು ಒತ್ತಿ ಸರ್ಟಿಫಿಕೇಟ್ ತೆರೆದೆವು. "Issued By" ಅನ್ನುವಲ್ಲಿ ನಮ್ಮ ಫೈರ್‌ವಾಲ್ ಕಂಪನಿಯ ಹೆಸರೇ ಇತ್ತು. ಸಿಕ್ಕಿಬಿತ್ತು. ಯಾರೂ ಹ್ಯಾಕ್ ಮಾಡಿರಲಿಲ್ಲ, ನಾವೇ ಬ್ಲಾಕ್ ಮಾಡಿದ್ದೆವು!

ಆದರೂ ಇಂಥ ಎಚ್ಚರಿಕೆ ಬಂದಾಗ "Proceed" ಒತ್ತುವ ಅಭ್ಯಾಸ ಮಾಡಿಕೊಳ್ಳಬೇಡಿ. ಇನ್ನೊಂದು ದಿನ, ಇನ್ನೊಂದು ಜಾಗದಲ್ಲಿ ಅದು ನಿಜವಾದ ಕಳ್ಳನೇ ಆಗಿರಬಹುದು. ಸರ್ಟಿಫಿಕೇಟ್ ನೋಡಿ, ಮುಚ್ಚಿಬಿಡಿ.

ಕೆಲವು ಕಡೆ ತಡೆ ಡಿಎನ್‌ಎಸ್ ಮಟ್ಟದಲ್ಲಿ, ಅಂದರೆ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವಲ್ಲೇ ಇರುತ್ತದೆ. ಅದನ್ನು ಪತ್ತೆ ಮಾಡುವುದು ಇನ್ನೂ ಸುಲಭ. ಸಂಸ್ಥೆಯ ವೈಫೈನಲ್ಲಿ ಒಮ್ಮೆ, ಮನೆಯ ಸಂಪರ್ಕದಲ್ಲಿ ಒಮ್ಮೆ ಕಮಾಂಡ್ ಪ್ರಾಂಪ್ಟ್ ಅಥವಾ ಟರ್ಮಿನಲ್ ತೆರೆದು ಇದನ್ನು ಓಡಿಸಿ:

```
nslookup example.org
```

ಮನೆಯಲ್ಲಿ ಸರಿಯಾದ ವಿಳಾಸ ಬಂದು, ಸಂಸ್ಥೆಯಲ್ಲಿ `0.0.0.0` ಅಥವಾ 10, 192.168 ಎಂದು ಶುರುವಾಗುವ ಒಳಗಿನ ವಿಳಾಸ ಬಂದರೆ ಡಿಎನ್‌ಎಸ್ ತಡೆ ಎಂದೇ ತಿಳಿಯಿರಿ. ಎರಡೂ ಕಡೆ ಬೇರೆಬೇರೆ ಸಾರ್ವಜನಿಕ ವಿಳಾಸ ಬಂದರೆ ಮಾತ್ರ ಅನುಮಾನ ಪಡಬೇಡಿ. ದೊಡ್ಡ ಸೈಟುಗಳಿಗೆ ಅದು ಸಹಜ.

ಇನ್ನೊಂದು ಸಾಧ್ಯತೆ ಜನ ಮರೆಯುತ್ತಾರೆ. ಬಾಗಿಲು ಹಾಕಿರುವುದು ನಿಮ್ಮ ಸಂಸ್ಥೆಯಲ್ಲ, ಆ ಸೈಟೇ ಇರಬಹುದು. ಕ್ಯಾಂಪಸ್‌ನ ಯಾರೋ ಒಬ್ಬರು ಇ-ಜರ್ನಲ್ ಸೈಟಿನಿಂದ ನೂರಾರು ಲೇಖನಗಳನ್ನು ಒಟ್ಟಿಗೆ ಇಳಿಸಿದರೆ, ಪ್ರಕಾಶಕರು ಆ ಐಪಿ ವಿಳಾಸವನ್ನೇ ಮುಚ್ಚುವುದುಂಟು. ಆಗ ಎಲ್ಲರಿಗೂ ತೊಂದರೆ. ಸರ್ಟಿಫಿಕೇಟ್ ಸೈಟಿನದೇ ಇದ್ದು, ಪುಟದಲ್ಲಿ ಅನುಮತಿ ಇಲ್ಲ ಎನ್ನುವ 403 ಅಥವಾ ಬೇಡಿಕೆ ಅತಿಯಾಯಿತು ಎನ್ನುವ 429 ಬಂದರೆ ಮೊದಲು ಈ ಕಡೆ ಯೋಚಿಸಿ. ಜರ್ನಲ್ ಆದರೆ ಗ್ರಂಥಪಾಲಕರಿಗೆ ಹೇಳಿ. ಪ್ರಕಾಶಕರ ಜೊತೆ ಮಾತಾಡುವ ದಾರಿ ಅವರ ಬಳಿ ಇರುತ್ತದೆ.

ಮತ್ತೆ ನಮ್ಮ ಕಾರ್ಯಾಗಾರಕ್ಕೆ ಬರೋಣ. ಫೈರ್‌ವಾಲ್ ಲಾಗ್ ತೆಗೆದಾಗ ಕಾರಣ ಸಿಕ್ಕಿತು: "Newly Registered Domain". ಆಯೋಜಕರು ಆ ಹೆಸರನ್ನು ಕೊಂಡು ಎರಡು ವಾರವೂ ಆಗಿರಲಿಲ್ಲ. ಮೋಸದ ಸೈಟುಗಳು ಹೆಚ್ಚಾಗಿ ಹೊಚ್ಚ ಹೊಸ ಹೆಸರುಗಳಲ್ಲಿ ಬರುತ್ತವೆ ಎಂದು, ಸುಮಾರು ಒಂದು ತಿಂಗಳು ತುಂಬದ ಹೆಸರುಗಳನ್ನು ಸಾರಾಸಗಟಾಗಿ ತಡೆಯುವುದು ಈಗಿನ ರೂಢಿ. ನಿಯಮ ಕೆಟ್ಟದ್ದಲ್ಲ. ಆದರೆ ಸಮ್ಮೇಳನ, ಕಾರ್ಯಾಗಾರಗಳ ಸೈಟುಗಳೂ ಹೊಸ ಹೆಸರಿನಲ್ಲೇ ಬರುತ್ತವೆ, ಅಲ್ವಾ?

ಅಧ್ಯಾಪಕಿ ಕಳಿಸಿದ ಮೊದಲ ಮೇಲ್‌ನಲ್ಲಿ ಇದ್ದದ್ದು ಒಂದೇ ಸಾಲು: "ಸೈಟ್ ಓಪನ್ ಆಗ್ತಿಲ್ಲ, ದಯವಿಟ್ಟು ಸರಿ ಮಾಡಿ." ಇಂಥವು ದಿನಕ್ಕೆ ಹತ್ತು ಬರುತ್ತವೆ, ಬುಡಕ್ಕೆ ಹೋಗುತ್ತವೆ. ಇಬ್ಬರೂ ಕೂತು ತಿದ್ದಿದ ಮೇಲೆ ಅದು ಹೀಗಾಯಿತು:

"ಈ ವಿಳಾಸ ಬೇಕು (ಪೂರ್ತಿ ವಿಳಾಸ). ಇವತ್ತು ಬೆಳಿಗ್ಗೆ 11.20ಕ್ಕೆ ಗ್ರಂಥಾಲಯದ ವೈಫೈನಲ್ಲಿ ಪ್ರಯತ್ನಿಸಿದೆ, ಸರ್ಟಿಫಿಕೇಟ್ ದೋಷ ಬಂತು, ಪರದೆಯ ಚಿತ್ರ ಲಗತ್ತಿಸಿದ್ದೇನೆ. ಮೊಬೈಲ್ ಡೇಟಾದಲ್ಲಿ ತೆರೆಯುತ್ತದೆ. ವಿಭಾಗದ ಆರು ಜನ ನೋಂದಾಯಿಸಬೇಕು, ಕೊನೆಯ ದಿನ ಶುಕ್ರವಾರ. ಅಲ್ಲಿಯವರೆಗೆ ತೆರೆದರೆ ಸಾಕು. ವಿಭಾಗದ ಮುಖ್ಯಸ್ಥರಿಗೂ ಪ್ರತಿ ಕಳಿಸಿದ್ದೇನೆ."

ಇಲ್ಲಿ ಕೆಲಸ ಮಾಡಿದ್ದು ಸಮಯ ಮತ್ತು ಗಡುವು. ಸಮಯ ಇದ್ದರೆ ಲಾಗ್‌ನಲ್ಲಿ ಆ ಸಾಲು ತಕ್ಷಣ ಸಿಗುತ್ತದೆ. ಗಡುವು ಇದ್ದರೆ ಒಪ್ಪಿಗೆ ಕೊಡುವವರಿಗೆ ಧೈರ್ಯ. ಎಂದೆಂದಿಗೂ ತೆರೆದಿಡಿ ಅನ್ನುವುದಕ್ಕಿಂತ ನಾಲ್ಕು ದಿನ ತೆರೆಯಿರಿ ಅನ್ನುವುದಕ್ಕೆ ಬೇಗ ಹೂಂ ಅನ್ನುತ್ತಾರೆ.

ಸೈಟ್ ತಪ್ಪು ವರ್ಗಕ್ಕೆ ಬಿದ್ದಿದ್ದರೆ ಇನ್ನೊಂದು ಬಾಗಿಲೂ ಇದೆ. ಫೋರ್ಟಿಗಾರ್ಡ್, ಸಿಸ್ಕೊ ಟಾಲೋಸ್, ಪಾಲೊ ಆಲ್ಟೊದಂಥ ಪಟ್ಟಿ ಮಾಡುವವರು, ಒಂದು ಸೈಟ್ ಯಾವ ವರ್ಗದಲ್ಲಿದೆ ಎಂದು ನೋಡಲು ಸಾರ್ವಜನಿಕ ಪುಟ ಇಟ್ಟಿದ್ದಾರೆ. ವರ್ಗ ಬದಲಿಸಿ ಎಂದು ಕೇಳಬಹುದು. ಅವರು ಒಪ್ಪಿದರೆ ಆ ಪಟ್ಟಿ ಬಳಸುವ ಎಲ್ಲ ಸಂಸ್ಥೆಗಳಲ್ಲೂ ಸರಿಹೋಗುತ್ತದೆ.

ಇಷ್ಟೆಲ್ಲ ಯಾಕೆ, ಸಂಪರ್ಕವನ್ನು ಮುಚ್ಚಿ ಬೇರೆಯವರ ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಹಾಕಿದರೆ ಮುಗಿಯಿತಲ್ಲ ಅಂತ ಕೇಳುವವರಿದ್ದಾರೆ. ಬಹಳಷ್ಟು ಕಡೆ ಬಳಕೆಯ ನಿಯಮದಲ್ಲೇ ಅದು ಬೇಡ ಎಂದಿರುತ್ತದೆ. ನೀವು ಅದಕ್ಕೆ ಸಹಿ ಹಾಕಿರುತ್ತೀರಿ. ಪುಕ್ಕಟೆ ವಿಪಿಎನ್ ಆದರೆ, ಸಂಸ್ಥೆಗೆ ಕಾಣಬಾರದೆಂದು ಮುಚ್ಚಿಟ್ಟದ್ದನ್ನು ಪರಿಚಯವೇ ಇಲ್ಲದವರ ಕೈಗೆ ಒಪ್ಪಿಸಿದ ಹಾಗೆ. ಫೈರ್‌ವಾಲ್ ಲಾಗ್‌ನಲ್ಲಿ ಅದು ಎದ್ದು ಕಾಣುತ್ತದೆ ಎನ್ನುವುದು ಬೇರೆ ಮಾತು. ವೈಯಕ್ತಿಕ ಕೆಲಸವಾದರೆ ನಿಮ್ಮ ಸ್ವಂತ ಫೋನು, ಸ್ವಂತ ಡೇಟಾ ಸಾಕು.

ನಮ್ಮ ಸೈಟ್ ಮರುದಿನ ತೆರೆಯಿತು. ಆದರೆ ಮಧ್ಯಾಹ್ನ ಅಧ್ಯಾಪಕಿ ಮತ್ತೆ ಬಂದರು. ಪುಟ ಬಂದಿದೆ, ಬಣ್ಣವಿಲ್ಲ, ಅಕ್ಷರಗಳೆಲ್ಲ ಒಂದರ ಕೆಳಗೊಂದು ಬಿದ್ದಿವೆ, "ಸಲ್ಲಿಸಿ" ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ಬ್ರೌಸರ್‌ನಲ್ಲಿ F12 ಒತ್ತಿ "Network" ಭಾಗ ತೆರೆದು ಪುಟವನ್ನು ರಿಫ್ರೆಶ್ ಮಾಡಿದೆವು. ಎರಡು ಸಾಲು ಕೆಂಪಾಗಿದ್ದವು. ಎರಡೂ ಬೇರೆ ಹೆಸರಿನ ಸರ್ವರ್‌ನಿಂದ ಬರಬೇಕಾದ ಫೈಲುಗಳು. ಆಯೋಜಕರು ಅದನ್ನೂ ಅದೇ ವಾರ ಕೊಂಡಿದ್ದರು. ಆ ಹೆಸರನ್ನೂ ಪಟ್ಟಿಗೆ ಸೇರಿಸಿದ ಮೇಲೆ ಆರು ಜನರೂ ನೋಂದಾಯಿಸಿದರು. ಶುಕ್ರವಾರ ಸಂಜೆ ಎರಡನ್ನೂ ಮತ್ತೆ ಮುಚ್ಚಿದೆ.